ಮೈಕಕ್ಕನ ಉರಿ

ಆ ಬಸ್ ನಿಲ್ದಾಣಕ್ಕೆ ಬರುವವರಿಗೆಲ್ಲ ಅವಳ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಮಹಡಿಯ ಮೇಲಿನ ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ, ಯಾವುದು ತಡ ಎಂದು ಕೂಗಿ ಹೇಳುವುದು ಅವಳ ಕೆಲಸ. ಚಾಲಕರು, ಕಂಡಕ್ಟರುಗಳು ಎಲ್ಲ ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಎಷ್ಟೇ ಗದ್ದಲವಿರಲಿ, ಅವಳ ದನಿ ತಣ್ಣಗಿರುತ್ತಿತ್ತು. ‘ಹೊಟ್ಟೆಯಲ್ಲಿ ಐಸ್ ಇಟ್ಕೊಂಡು ಮಾತಾಡ್ತಾಳೆ’ ಎಂದು ಕ್ಯಾಂಟೀನಿನಲ್ಲಿ ತಮಾಷೆ ಮಾಡುತ್ತಿದ್ದರು.

ಅವಳು ಕೂತಿದ್ದು ಮಾತ್ರ ಕೆಂಡದ ಮೇಲೆ.

ಶುರುವಾಗಿದ್ದು ಒಂದು ಮಾಮೂಲಿ ಫಂಗಸ್ ಸೋಂಕಿನಿಂದ. ತುರಿಕೆ, ಬಿಳಿ ಹೋಗುವುದು. ಮಾತ್ರೆ ತಗೊಂಡಳು, ತುರಿಕೆ ಹೋಯಿತು. ಉರಿ ಮಾತ್ರ ಉಳಿದುಬಿಟ್ಟಿತು. ಯೋನಿಯ ಬಾಯಲ್ಲಿ, ಮೆಣಸಿನಕಾಯಿ ಹೆಚ್ಚಿದ ಕೈ ತಾಗಿದ ಹಾಗೆ. ಕೂತರೆ ಉರಿ, ಬಿಗಿ ಬಟ್ಟೆ ಹಾಕಿದರೆ ಉರಿ, ಗಂಡ ಹತ್ತಿರ ಬಂದರೆ ಚಾಕುವಿನಲ್ಲಿ ಗೀರಿದಂಥ ನೋವು. ಒಂದು ಕಾಲಿಗೆ ಭಾರ ಹಾಕಿ ಕುರ್ಚಿಯ ತುದಿಯಲ್ಲಿ ಕೂರುವುದು ರೂಢಿಯಾಯಿತು. ‘ಪ್ರಯಾಣಿಕರ ಗಮನಕ್ಕೆ’ ಎಂದು ಶುರುಮಾಡಿ, ಸ್ವಿಚ್ಚು ಒತ್ತಿ ಮೈಕು ಆರಿಸಿ, ಒಂದು ಸಲ ‘ಅಯ್ಯಮ್ಮಾ’ ಎಂದು ನರಳಿ, ಮತ್ತೆ ಸ್ವಿಚ್ಚು ಹಾಕಿ ಉಳಿದದ್ದು ಹೇಳುವುದು. ಆ ಕೋಣೆಯಲ್ಲಿ ಅವಳೊಬ್ಬಳೇ. ಪಾಳಿ ಮುಗಿಯುವ ತನಕ ಎದ್ದು ಹೋಗುವಂತಿಲ್ಲ. ಎದ್ದು ಹೋದರೂ ಎಲ್ಲಿಗೆ? ಉರಿ ಅವಳ ಜೊತೆಗೇ ಬರುತ್ತಿತ್ತು.

ಮೊದಲ ಡಾಕ್ಟರು ಪರೀಕ್ಷೆ ಮಾಡದೆಯೇ ಅದೇ ಮಾತ್ರೆ, ಅದೇ ಮುಲಾಮು ಮತ್ತೆ ಬರೆದುಕೊಟ್ಟರು. ಹಾಗೇ ಎಷ್ಟೋ ಸಲ. ಕೊನೆಗೊಂದು ಸಲ, ‘ಗಂಡನಿಗೂ ಕೊಡಿ, ಅವರಿಂದ ಬರ್ತಿರಬಹುದು’ ಎಂದರು. ಅವಳ ಗಂಡ ಸೋಫಾ, ಕುರ್ಚಿಗಳಿಗೆ ಮೆತ್ತೆ ಕಟ್ಟುವ ಕೆಲಸದವನು. ಸಂಜೆ ಹತ್ತಿಯ ಧೂಳು ಕೊಡವಿಕೊಂಡು ಬಂದವನ ಕೈಗೆ ಮಾತ್ರೆ ಇಟ್ಟಳು.

‘ನನಗ್ಯಾಕೆ?’

‘ಡಾಕ್ಟರು ಹೇಳಿದ್ರು. ನಿಮ್ಮಿಂದ ಬಂದಿರಬಹುದಂತೆ.’

ಅವನು ಮಾತ್ರೆಯನ್ನೂ ಅವಳನ್ನೂ ನೋಡಿದ. ‘ಅಂದ್ರೆ ನಾನು ಊರು ಸುತ್ತಿ ರೋಗ ಹೊತ್ಕೊಂಡು ಬರ್ತೀನಿ ಅಂತ?’

‘ನಾನೆಲ್ಲಿ ಹಾಗಂದೆ ರೀ?’

‘ಹಾಗಂದ್ರೆ ಹಾಗೇ ತಾನೇ?’

ಮಾತ್ರೆ ನುಂಗಿದ, ಊಟ ಮಾಡಲಿಲ್ಲ.

ಎರಡನೇ ಡಾಕ್ಟರು ನೋಡಿದರು. ಲ್ಯಾಬಿಗೆ ಕಳಿಸಿದರು. ಸೋಂಕಿಲ್ಲ, ಹುಣ್ಣಿಲ್ಲ, ಗಂಟಿಲ್ಲ. ‘ಎಲ್ಲ ನಾರ್ಮಲ್ ಇದೆಯಮ್ಮಾ. ಸುಮ್ಮನೆ ಟೆನ್ಷನ್ ಮಾಡ್ಕೊಂಡಿದ್ದೀರಿ. ಒಂದು ಮಗು ಆದರೆ ಎಲ್ಲ ಸರಿಹೋಗುತ್ತೆ.’ ಮಗುವಾಗಲು ಏನು ಆಗಬೇಕೋ ಅದೇ ಆಗುತ್ತಿಲ್ಲವಲ್ಲ ಎಂದುಕೊಳ್ಳುತ್ತಾ ಚೀಟಿ ಮಡಚಿಟ್ಟಳು. ಬೇರೆಯವರು ಹೆದರುವಂಥದ್ದಕ್ಕೇ ಅವಳು ಆಸೆಪಟ್ಟಳು: ಒಂದು ಹುಣ್ಣಾದರೂ ಇರಬಾರದಿತ್ತೇ? ತೋರಿಸಲು ಏನಾದರೂ ಇರುತ್ತಿತ್ತು. ಸೋಂಕಿದ್ದರೆ ಗಂಡ ತಪ್ಪಿತಸ್ಥ, ಏನೂ ಇಲ್ಲದಿದ್ದರೆ ಅವಳು ಸುಳ್ಳುಗಾತಿ. ಮೂರನೆಯ ದಾರಿಯೇ ಇರಲಿಲ್ಲ.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಅತ್ತೆ ಹೊರಕೋಣೆಯಲ್ಲಿ. ಗೋಡೆ ಎಷ್ಟು ತೆಳುವೆಂದರೆ ಅತ್ತೆ ಮಗ್ಗುಲು ಬದಲಿಸಿದರೂ ಕೇಳಿಸುತ್ತಿತ್ತು. ಇವಳ ‘ಬೇಡ ರೀ, ಉರಿ’ ಎನ್ನುವುದೂ ಆ ಕಡೆ ಕೇಳಿಸುತ್ತಿದ್ದಿರಬೇಕು. ಸೊಸೆ ನಿಂತುಕೊಂಡೇ ಊಟ ಮಾಡುವುದನ್ನು ಅತ್ತೆ ಗಮನಿಸಿದ್ದರು. ಕೆಟ್ಟವರಲ್ಲ. ದಿನಾ ಬೆಳಿಗ್ಗೆ ಬಿಸಿನೀರಿಗೆ ಗಾಯ ತೊಳೆಯುವ ಔಷಧಿ ಸುರಿದು, ‘ಹೋಗು, ಇದರಲ್ಲಿ ತೊಳ್ಕೊ, ಏನಿದ್ರೂ ಸತ್ತುಹೋಗುತ್ತೆ’ ಎಂದು ತಾವೇ ಬಕೆಟ್ಟು ಇಟ್ಟುಕೊಡುತ್ತಿದ್ದರು. ಅವಳು ಹಲ್ಲು ಕಚ್ಚಿ ತೊಳೆದುಕೊಳ್ಳುತ್ತಿದ್ದಳು. ಉರಿ ಇನ್ನೂ ಹೆಚ್ಚುತ್ತಿತ್ತು. ಹೆಚ್ಚಿದಷ್ಟೂ ಸ್ವಚ್ಛ ಸಾಲದು ಎಂದುಕೊಂಡು ಸೋಪು ಹಾಕುತ್ತಿದ್ದಳು.

ಗಂಡ ಹತ್ತಿರ ಬರಲೇ ಎಂದು ಕೇಳುವುದನ್ನೇ ಬಿಟ್ಟ. ಅದು ನಿರಾಳವಾಗಬೇಕಿತ್ತು, ಆಗಲಿಲ್ಲ. ಒಂದು ಭಾನುವಾರ ತಟ್ಟೆ ತೊಳೆಯುತ್ತಿದ್ದವಳ ಹಿಂದೆ ಬಂದು ನಿಂತು ಮೆಲ್ಲಗೆ ಕೇಳಿದ: ‘ನಿಜ ಹೇಳು. ನಾನು ಬೇಡವಾಗಿದ್ದೀನಾ ನಿನಗೆ?’

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ‘ನೀವು ಬೇಕು ಅಂದ್ರೂ ಉರಿಯುತ್ತೆ, ಬೇಡ ಅಂದ್ರೂ ಉರಿಯುತ್ತೆ. ನಾನೇನು ಮಾಡ್ಲಿ? ಹೊಟ್ಟೆ ಸೀಳಿ ತೋರಿಸ್ಲಾ?’

ಆ ವಾರವೇ ಒಂದು ದಿನ ಬಸ್ಸಿನ ಹೆಸರು ಕೂಗುತ್ತಾ ಕೂಗುತ್ತಾ ಅವಳ ದನಿ ಒಡೆಯಿತು. ಇಡೀ ನಿಲ್ದಾಣಕ್ಕೆ ಬಿಕ್ಕಳಿಕೆ ಕೇಳಿಸಿತು. ಪಾಳಿ ಬದಲಿಸಲು ಬಂದಿದ್ದ ಹಿರಿಯ ಸಹೋದ್ಯೋಗಿ ಮೈಕು ಆರಿಸಿ ಪಕ್ಕದಲ್ಲಿ ಕೂತಳು. ಇವಳು ಮೊದಲ ಬಾರಿಗೆ ಹೊರಗಿನವರೊಬ್ಬರಿಗೆ ಅರ್ಧಂಬರ್ಧ ಹೇಳಿದಳು. ಆ ಸಹೋದ್ಯೋಗಿಗೂ ರೋಗ ಯಾವುದೆಂದು ಗೊತ್ತಿರಲಿಲ್ಲ. ಆದರೆ ದೊಡ್ಡಾಸ್ಪತ್ರೆಯಲ್ಲಿ ಬರೀ ಇಂಥ ನೋವನ್ನೇ ನೋಡುವ ಡಾಕ್ಟರಮ್ಮ ವಾರಕ್ಕೊಂದು ದಿನ ಕೂರುತ್ತಾರೆ ಎಂದು ತನ್ನ ತಂಗಿಯಿಂದ ಕೇಳಿದ್ದಳು. ‘ಹೋಗಿ ಬಾ. ಅಲ್ಲೂ ಏನಿಲ್ಲ ಅಂದ್ರೆ ಇದ್ದದ್ದೇ ಇದೆಯಲ್ಲ’ ಎಂದಳು.

ಡಾಕ್ಟರಮ್ಮ ಮೊದಲು ಮಂಚ ತೋರಿಸಲಿಲ್ಲ, ಕುರ್ಚಿ ತೋರಿಸಿದರು. ಇವಳು ತುದಿಯಲ್ಲಿ ಕೂತದ್ದನ್ನು ನೋಡಿ, ‘ನಿಂತ್ಕೊಂಡೇ ಹೇಳಿ, ಪರವಾಗಿಲ್ಲ’ ಎಂದರು. ಯಾವಾಗಿನಿಂದ, ಎಲ್ಲಿ, ತಾನಾಗೇ ಉರಿಯುತ್ತದೋ ಮುಟ್ಟಿದರೋ, ಏನೇನು ಹಚ್ಚಿದಿರಿ, ಯಾವುದರಲ್ಲಿ ತೊಳೆಯುತ್ತೀರಿ, ಯಾರಾದರೂ ಬಲವಂತ ಮಾಡಿದ್ದಾರಾ ಎಂದೆಲ್ಲ ಕೇಳಿದರು. ಆಮೇಲೆ, ‘ಈಗ ನೋಡ್ತೀನಿ. ಸಾಕು ಅಂದ ತಕ್ಷಣ ನಿಲ್ಲಿಸ್ತೀನಿ’ ಎಂದು ಮಾತು ಕೊಟ್ಟರು.

ಚರ್ಮ ನೋಡಿದರು, ಸೋಂಕಿನ ಪರೀಕ್ಷೆಗೆ ಮತ್ತೊಮ್ಮೆ ಸ್ವಲ್ಪ ಸ್ರಾವ ತೆಗೆದು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಸೋಂಕಿರಲಿಲ್ಲ. ಆಮೇಲೆ ತುದಿಗೆ ಹತ್ತಿ ಸುತ್ತಿದ ಸಣ್ಣ ಕಡ್ಡಿ ಹಿಡಿದು, ತೊಡೆಯಿಂದ ಶುರುಮಾಡಿ ಒಳಗೊಳಗೆ ಬರುತ್ತಾ ಮೆಲ್ಲಗೆ ಮುಟ್ಟಿದರು. ‘ಇಲ್ಲಿ?’ ‘ಇಲ್ಲ.’ ‘ಇಲ್ಲಿ?’ ‘ಇಲ್ಲ.’ ಯೋನಿಯ ಬಾಯಿಯ ಅಂಚಿಗೆ, ಕೆಳಭಾಗಕ್ಕೆ ಹತ್ತಿ ಸೋಕಿದ್ದೇ ತಡ, ಅವಳು ಮಂಚದಿಂದ ಎಗರಿದಳು. ಕಣ್ಣಲ್ಲಿ ನೀರು.

‘ಇಲ್ಲೇ ಅಲ್ವಾ? ಇಲ್ಲೇ ಇದೆ ನಿಮ್ಮ ನೋವು’ ಎಂದರು ಡಾಕ್ಟರಮ್ಮ.

ಅನುಮತಿ ಕೇಳಿ ಒಂದೇ ಬೆರಳಿನಿಂದ ಒಳಗಿನ ಸ್ನಾಯುಗಳನ್ನೂ ಒತ್ತಿ ನೋಡಿದರು. ಹಗ್ಗದ ಹಾಗೆ ಬಿಗಿದುಕೊಂಡಿದ್ದವು.

ಅವಳು ಬಟ್ಟೆ ಸರಿಮಾಡಿಕೊಂಡು ಬಂದಮೇಲೆ ಡಾಕ್ಟರಮ್ಮ ಹೇಳಿದರು: ‘ಇದಕ್ಕೆ ವಲ್ವೊಡಿನಿಯಾ ಅಂತಾರೆ. ಮೂರು ತಿಂಗಳಿಗಿಂತ ಹೆಚ್ಚು ನೋವಿದ್ದು, ಸೋಂಕು, ಚರ್ಮದ ಕಾಯಿಲೆ ಯಾವುದೂ ಕಾಣದಿದ್ದಾಗ ಕೊಡೋ ಹೆಸರು. ಇದನ್ನ ತೋರಿಸೋ ರಕ್ತಪರೀಕ್ಷೆ, ಸ್ಕ್ಯಾನು ಇಲ್ಲ. ಬೇರೆಯದೆಲ್ಲ ಅಲ್ಲ ಅಂತ ಖಾತ್ರಿ ಮಾಡ್ಕೊಂಡು, ನೀವು ಹೇಳಿದ್ದನ್ನ ಕೇಳಿ, ಮುಟ್ಟಿ ನೋಡಿ ಹೇಳ್ಬೇಕು. ಯಾಕೆ ಬರುತ್ತೆ ಅಂತ ಪೂರ್ತಿ ಗೊತ್ತಿಲ್ಲ. ಅಲ್ಲಿನ ನರಗಳು ಸಣ್ಣ ಸ್ಪರ್ಶಕ್ಕೂ ನೋವು ಅಂತ ಕೂಗೋಕೆ ಶುರುಮಾಡಿವೆ. ನೋವಿಗೆ ಹೆದರಿ ಸ್ನಾಯು ಬಿಗಿಯುತ್ತೆ, ಬಿಗಿದಷ್ಟೂ ನೋವು.’

‘ಕ್ಯಾನ್ಸರ್ರಾ ಡಾಕ್ಟ್ರೇ?’

‘ಅಲ್ಲ. ಅಂಟುರೋಗವೂ ಅಲ್ಲ. ಯಾರಿಂದಲೂ ಬಂದದ್ದಲ್ಲ, ಯಾರಿಗೂ ಹೋಗಲ್ಲ. ನೀವು ಕಲ್ಪಿಸಿಕೊಂಡಿದ್ದೂ ಅಲ್ಲ.’

ಅವಳು ಅತ್ತಳು. ಒಂದು ಗಳಿಗೆಯ ಸಮಾಧಾನ ಅದು. ಆಮೇಲೆ ಕೇಳಿದಳು: ‘ಯಾವಾಗ ವಾಸಿಯಾಗುತ್ತೆ?’

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. ‘ತಿಂಗಳುಗಟ್ಟಲೆ ಬೇಕು. ಬಹಳ ಜನರಿಗೆ ಕಡಿಮೆಯಾಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ.’

ಮೊದಲ ಕೆಲಸ, ಎಲ್ಲ ನಿಲ್ಲಿಸುವುದು: ಸೋಪು, ಔಷಧಿ ನೀರು, ಆ ಮುಲಾಮುಗಳು. ಬರೀ ನೀರು, ಸಡಿಲ ಹತ್ತಿಬಟ್ಟೆ. ಮರಗಟ್ಟಿಸುವ ಮುಲಾಮು ಸ್ವಲ್ಪ. ಹಚ್ಚಿದಾಗ ಮೊದಲು ಚುರುಗುಟ್ಟುತ್ತದೆ. ಹೊತ್ತು ಮುಳುಗಿದ ಮೇಲೆ ಒಂದು ಸಣ್ಣ ಮಾತ್ರೆ. ‘ಇದನ್ನ ಖಿನ್ನತೆಗೂ ಕೊಡ್ತಾರೆ. ನಿಮಗೆ ಕೊಡ್ತಿರೋದು ನರದ ನೋವಿಗೆ, ಅದಕ್ಕೇ ಪ್ರಮಾಣ ಕಡಿಮೆ. ಬಾಯಿ ಒಣಗಬಹುದು, ಮಂಪರು ಬರಬಹುದು. ನಿಧಾನ ಹೆಚ್ಚಿಸ್ತೀವಿ. ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ. ಮಗು ಬೇಕು ಅಂತ ಹೊರಟರೆ ಮೊದಲೇ ಹೇಳಿ.’ ಜೊತೆಗೆ ಫಿಸಿಯೋಥೆರಪಿ. ಕೊನೆಗೆ, ‘ನೋವು ತಡ್ಕೊಂಡು ಗಂಡನ ಜೊತೆ ಸೇರಬೇಡಿ. ಅದು ಆ ನೋವನ್ನ ಇನ್ನಷ್ಟು ಗಟ್ಟಿ ಮಾಡುತ್ತೆ’ ಎಂದರು.

ಔಷಧಿ ಅಂಗಡಿಯಲ್ಲಿ ಚೀಟಿ ನೋಡಿದವನು, ಆಸ್ಪತ್ರೆಗೆ ಜೊತೆಗೆ ಬಂದು ಹೊರಗೇ ಕಾದಿದ್ದ ಅತ್ತೆಗೆ ಕೇಳುವಂತೆಯೇ, ‘ಮನಸ್ಸಿನ ಮಾತ್ರೆ ಇದು’ ಎಂದ. ಮನೆಗೆ ಬಂದದ್ದೇ ಅತ್ತೆ ಮಗನಿಗೆ ಹೇಳಿದರು: ‘ತಲೆಗೆ ಮಾತ್ರೆ ಕೊಟ್ಟಿದ್ದಾರೆ ಕಣೋ.’

ಬಾಗಿಲು ತೆರೆಯಿತು ಅಂದುಕೊಂಡವಳ ಮುಖಕ್ಕೇ ಅದು ಮತ್ತೆ ಬಡಿಯಿತು. ಡಾಕ್ಟರಮ್ಮ ಹೇಳಿದ್ದೆಲ್ಲವನ್ನೂ ಹೇಳಲು ನೋಡಿದಳು, ಅವಳ ಬಾಯಲ್ಲಿ ಅದು ನೆಪದ ಹಾಗೇ ಕೇಳಿಸಿತು. ಗಂಡ ಕೇಳಿಸಿಕೊಂಡು, ಕೊನೆಗೆ, ‘ಮುಂದಿನ ಸಲ ನಾನೂ ಬರ್ತೀನಿ’ ಎಂದ. ಪರೀಕ್ಷಿಸಲು ಬರುತ್ತಾನೋ, ಜೊತೆಗೆ ಬರುತ್ತಾನೋ ಅವಳಿಗೆ ತಿಳಿಯಲಿಲ್ಲ.

ಅವನು ಬಂದ. ಡಾಕ್ಟರಮ್ಮನ ಎದುರು ಕೈಕಟ್ಟಿ ಕೂತು ನೇರವಾಗಿ ಕೇಳಿದ: ‘ಅವಳಿಗೆ ನಾನು ಇಷ್ಟ ಇಲ್ಲದಿದ್ರೆ ಹೀಗಾಗುತ್ತಾ?’

‘ಕೂತ್ರೂ ಉರಿಯುತ್ತಲ್ಲಪ್ಪಾ ಅವರಿಗೆ. ಕುರ್ಚಿ ಇಷ್ಟ ಇಲ್ಲ ಅಂತಾನಾ?’

ಅವನಿಗೆ ನಗು ಬಂತು. ನಕ್ಕಮೇಲೆ ತಲೆ ತಗ್ಗಿಸಿದ. ಹೊರಗೆ ಬಂದು ಮೆಟ್ಟಿಲ ಮೇಲೆ, ‘ಇಷ್ಟು ದಿನ ಅನುಭವಿಸ್ತಿದ್ದೆಯಾ ಇದನ್ನ?’ ಎಂದ. ಆ ವಾರ ಅಂಗಡಿಯಲ್ಲಿ ಫೋಮು ಕತ್ತರಿಸಿ, ನಡುವೆ ಹಳ್ಳ ಬಿಟ್ಟು, ಭಾರ ಎರಡೂ ತೊಡೆಗೆ ಹೋಗುವಂತೆ ಒಂದು ಮೆತ್ತೆ ಮಾಡಿದ. ಮೊದಲನೆಯದು ತೀರಾ ಮೆದುವಾಗಿ ತಳ ಮುಟ್ಟಿತು. ಬೈದುಕೊಂಡು ಬಿಚ್ಚಿ ಮತ್ತೆ ಕಟ್ಟಿದ. ಗಾಜಿನ ಕೋಣೆಗೆ ತಾನೇ ತಂದುಕೊಟ್ಟ.

ಅತ್ತೆ ಬಕೆಟ್ಟಿಡುವುದನ್ನು ನಿಲ್ಲಿಸಿದರು, ಆದರೆ ಪೂರ್ತಿ ನಂಬಿದರೆಂದು ಹೇಳಲಾಗದು. ‘ಏನಂದೆ ಅದರ ಹೆಸರು? ವಲ್ವ... ಡೀನಾ? ಯಾವುದೋ ಊರಿನ ಹೆಸರಿದ್ದ ಹಾಗಿದೆ. ಆ ಬಸ್ಸು ಹೊರಟುಹೋದ್ರೆ ಸಾಕಮ್ಮಾ’ ಎಂದರು.

ಅದು ಅಷ್ಟು ಸುಲಭಕ್ಕೆ ಹೊರಡಲಿಲ್ಲ. ಮೊದಲ ವಾರಗಳಲ್ಲಿ ಮಾತ್ರೆಯಿಂದ ಬಾಯಿ ಒಣಗಿ ಕೂಗುವಾಗ ನಾಲಿಗೆ ಅಂಟುತ್ತಿತ್ತು, ಉರಿ ಹಾಗೇ ಇತ್ತು. ಫಿಸಿಯೋಥೆರಪಿಯ ಹೆಂಗಸು ಉಸಿರು ಕೆಳಗಿಳಿಸಿ ಆ ಸ್ನಾಯುಗಳನ್ನು ಸಡಿಲ ಬಿಡುವುದನ್ನು ಕಲಿಸಿದಳು. ‘ಬಿಗಿ ಹಿಡಿಯೋದಲ್ಲ, ಬಿಡೋದು’ ಎಂದು ಮತ್ತೆಮತ್ತೆ ಹೇಳುತ್ತಿದ್ದಳು. ಕೈಗವಸು ಹಾಕಿ ಬಿಗಿದ ಜಾಗಗಳನ್ನು ನಿಧಾನ ಒತ್ತಿ ಸಡಿಲಿಸುತ್ತಿದ್ದಳು. ಆಮೇಲೆ ಬೆರಳಿನಷ್ಟು ತೆಳ್ಳಗಿನ ನುಣುಪಾದ ಒಂದು ಸಾಧನ ಕೊಟ್ಟು, ಮನೆಯಲ್ಲಿ ನೋಯದಷ್ಟೇ ಒಳಗಿಟ್ಟುಕೊಂಡು ಅಭ್ಯಾಸ ಮಾಡಲು ಹೇಳಿದಳು. ತೆಳುಗೋಡೆಯ ಮನೆಯಲ್ಲಿ ಅದಕ್ಕೆ ಜಾಗವೆಲ್ಲಿ? ಅತ್ತೆ ತರಕಾರಿಗೆ ಹೋದ ಹೊತ್ತು ಕಾಯಬೇಕಿತ್ತು.

ಕೆಲವು ತಿಂಗಳ ಮೇಲೆ ಒಂದು ದಿನ ಮಧ್ಯಾಹ್ನ ಪಾಳಿ ಮುಗಿದಾಗಲೇ ಅವಳಿಗೆ ಹೊಳೆದದ್ದು, ಬೆಳಿಗ್ಗೆಯಿಂದ ಉರಿಯ ನೆನಪೇ ಆಗಿಲ್ಲವೆಂದು. ಖುಷಿಯಲ್ಲಿ ಬಿಗಿ ಚೂಡಿದಾರ ಹಾಕಿಕೊಂಡು ಓಡಾಡಿದಳು. ಮರುದಿನವೇ ಉರಿ ವಾಪಸ್ಸು. ಎಲ್ಲ ಮುಗಿಯಿತೆಂದು ಅತ್ತಳು. ‘ಹೆಚ್ಚಾಗೋದು, ಇಳಿಯೋದು ಇರುತ್ತೆ. ಮೊದಲಿನ ಜಾಗಕ್ಕೇ ಬಂದುಬಿಟ್ರಿ ಅಂತಲ್ಲ’ ಎಂದರು ಡಾಕ್ಟರಮ್ಮ. ತಣ್ಣೀರಿನ ಬಟ್ಟೆ ಇಟ್ಟುಕೊಂಡಳು, ಉಸಿರು ಬಿಟ್ಟಳು, ಕೆಲವು ದಿನಗಳಲ್ಲಿ ಇಳಿಯಿತು.

ಗಂಡ ಹೆಂಡತಿ ಮತ್ತೆ ಸೇರಿದ್ದು ಇನ್ನೂ ಎಷ್ಟೋ ಕಾಲದ ಮೇಲೆ. ಅದಕ್ಕೆ ಮೊದಲು ಬರೀ ಪಕ್ಕದಲ್ಲಿ ಮಲಗುವುದನ್ನು ಹೊಸದಾಗಿ ಕಲಿಯಬೇಕಾಯಿತು. ಸೇರಿದಾಗಲೂ ನೋವು ಪೂರ್ತಿ ಇಲ್ಲದಿರಲಿಲ್ಲ. ಅವಳು ‘ನಿಲ್ಲಿಸಿ’ ಅಂದಳು, ಅವನು ನಿಲ್ಲಿಸಿದ. ಮುಂದಿನ ಸಲ ಅನ್ನಬೇಕಾಗಲಿಲ್ಲ. ಅದರ ಮುಂದಿನ ಸಲ ಮತ್ತೆ ಅನ್ನಬೇಕಾಯಿತು.

ಈಗಲೂ ಅವಳು ಮಾತ್ರೆ ತಗೊಳ್ಳುತ್ತಾಳೆ. ಒಳ್ಳೆಯ ದಿನಗಳು ಹೆಚ್ಚು. ಕೆಟ್ಟ ದಿನ ಯಾವಾಗ ಬರುತ್ತದೋ ಎಂಬ ಕಾವಲು ತಪ್ಪಿಲ್ಲ. ಇತ್ತೀಚೆಗೆ ಅರ್ಧ ದಿನ ಬಸ್ಸಿನಲ್ಲಿ ಕೂತು ತವರಿನ ಅಕ್ಕನ ಮನೆಗೆ ಹೋಗಿದ್ದಳು. ಕೊನೆಯ ಒಂದಷ್ಟು ದೂರ ಕೂರಲಾಗದೆ ಕಂಬಿ ಹಿಡಿದು ನಿಂತೇ ಹೋದಳು. ‘ಸೀಟಿದ್ರೂ ಯಾಕೆ ನಿಂತಿದ್ದೆ?’ ಎಂದು, ನಿಲ್ದಾಣಕ್ಕೆ ಕರೆಯಲು ಬಂದಿದ್ದ ಅಕ್ಕ ಅಡುಗೆಮನೆಯಲ್ಲಿ ಕೇಳಿದಳು.

‘ಕಾಲು ಜೋಮು’ ಎನ್ನಬಹುದಿತ್ತು. ಅವಳು ಬಾಗಿಲು ಮುಂದೆ ಮಾಡಿ, ಎಲ್ಲಿ ಉರಿ, ಯಾಕೆ ಕಾಣಿಸುವುದಿಲ್ಲ, ಏನು ಮಾಡುತ್ತಿದ್ದಾಳೆ ಎಂಬುದನ್ನು ಒಂದೂ ಬಿಡದೆ ಹೇಳಿದಳು. ಅಕ್ಕ ಹಿಟ್ಟಿನ ಕೈಯಲ್ಲೇ ಕೇಳಿಸಿಕೊಂಡಳು.