ಕಸ್ತೂರಿಬಾಯಿಯ ನಂಬರು

ಕಪನೂರಿನ ಅಮರನಾಥ ಸಾವ್ಕಾರರ ಕಾರ್ಖಾನೆಯಲ್ಲಿ ಕೂರಿಗೆ, ಕುಂಟೆ, ನೇಗಿಲು ತಯಾರಾಗುತ್ತವೆ. ಯಾವ ರೈತನಿಗೆ ಎಷ್ಟು ತಾಳಿನ, ಅಂದರೆ ಒಮ್ಮೆಗೆ ಎಷ್ಟು ಸಾಲು ಬಿತ್ತುವ ಕೂರಿಗೆ ಬೇಕು, ಸಾಲಿನ ಅಂತರ ಎಷ್ಟಿರಬೇಕು ಎಂದು ಕೇಳಿ ಬರೆದುಕೊಳ್ಳುತ್ತಿದ್ದವಳು ಕಸ್ತೂರಿಬಾಯಿ. ಹತ್ತೊಂಬತ್ತು ವರ್ಷ ಅವಳು ಕಮಲಾಪುರದಿಂದ ಬೆಳಗಿನ ಬಸ್ಸು ಹಿಡಿದು, ಕಪನೂರಿನಲ್ಲಿಳಿದು, ಅದೇ ಕಬ್ಬಿಣದ ಮೇಜಿನ ಹಿಂದೆ ಕೂತಿದ್ದಳು. ಗಂಡ ತೀರಿಕೊಂಡ ವರ್ಷ ಸಿಕ್ಕ ಕೆಲಸ ಅದು. ಒಂದು ಅಳತೆ ತಪ್ಪಿ ಕೂರಿಗೆ ವಾಪಸು ಬಂತೆಂದು ಯಾರೂ ಅವಳತ್ತ ಬೆರಳು ತೋರಿಸಿದ್ದಿಲ್ಲ. ಅವಳಿಗೆ ಅದರ ಜಂಬ ಇತ್ತು. ಇರಲಿ ಬಿಡಿ, ಅಷ್ಟು ಜಂಬಕ್ಕೆ ಹಕ್ಕಿತ್ತು.

ಅವಳದೊಂದು ಪದ್ಧತಿಯೂ ಇತ್ತು. ಎಷ್ಟೋ ರೈತರ ಬಳಿ ಫೋನು ಇರುತ್ತಿರಲಿಲ್ಲ, ಇದ್ದರೂ ವರ್ಷಕ್ಕೊಂದು ಸಿಮ್ಮು. "ನಂಬರ ಇಲ್ಲಂದ್ರ ನಂದೇ ಬರೀತೀನಿ ತಗೋರಿ" ಎಂದು ರಜಿಸ್ಟರಿನಲ್ಲಿ ತನ್ನ ಮೊಬೈಲ್ ನಂಬರನ್ನೇ ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲೊಂದು ಸೊನ್ನೆ ಸುತ್ತುತ್ತಿದ್ದಳು. ಮಾಲು ತಯಾರಾದರೆ ಕಾರ್ಖಾನೆಯವರು ಅವಳಿಗೆ ಹೇಳುವುದು, ಅವಳು ಸಂಜೆ ಬಸ್ಸಿನಲ್ಲಿ ದಾರಿಯೂರು ಮಹಾಗಾಂವದವರಿಗೋ ಟೆಂಪೋದವರಿಗೋ ಹೇಳುವುದು. ಸುದ್ದಿ ಮನೆ ಮುಟ್ಟುತ್ತಿತ್ತು. ಒಂದೇ ಒಂದು ಸಲವೂ ತಪ್ಪಿರಲಿಲ್ಲ.

ಈ ವರ್ಷ ಸಾವ್ಕಾರರು ಹೊಸ ಸಾಫ್ಟ್‌ವೇರ್ ಹಾಕಿಸಿದರು. ಹಳೆಯ ರಜಿಸ್ಟರುಗಳನ್ನೂ ಟ್ಯಾಲಿ ಎಂಬ ಲೆಕ್ಕದ ಪ್ರೋಗ್ರಾಮಿನಲ್ಲಿದ್ದ ಬಿಲ್ಲುಗಳನ್ನೂ ಅದರೊಳಗೆ ಸೇರಿಸಲು ಪ್ರೀತಿ ಎಂಬ ಹುಡುಗಿಯನ್ನು ನೇಮಿಸಿದರು. ಚುರುಕು ಹುಡುಗಿ, ಬಾಯ್ತುಂಬ ಅಕ್ಕಾ ಅಕ್ಕಾ ಎನ್ನುತ್ತಿದ್ದಳು. ಟ್ಯಾಲಿಯಲ್ಲಿ ರೈತರ ಹೆಸರಿನ ಖಾತೆಗಳೇ ಇರಲಿಲ್ಲ. ಎಲ್ಲ ಬಿಲ್ಲೂ ನಗದು ಖಾತೆಯಲ್ಲಿ, ಯಾರ ಹೆಸರೂ ಇಲ್ಲದೆ. ಹಾಗಾಗಿ ಯಾವ ಬಿಲ್ಲು ಯಾರದ್ದೆಂದು ರಜಿಸ್ಟರು ನೋಡಿಯೇ ಹೊಂದಿಸಬೇಕಿತ್ತು. ಎರಡೂವರೆ ತಿಂಗಳು ಕಸ್ತೂರಿಬಾಯಿ ಓದಿದಳು, ಪ್ರೀತಿ ಎಕ್ಸೆಲ್ಲಿನಲ್ಲಿ ಟೈಪು ಮಾಡಿದಳು. ಅನುಮಾನ ಬಂದರೆ ಇರಲೆಂದು ಪುಟಪುಟವನ್ನೂ ಪ್ರೀತಿ ತನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಮಧ್ಯಾಹ್ನ ಇಬ್ಬರಿಗೂ ಒಂದೇ ಡಬ್ಬಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ.

"ಈ ಕೆಂಪು ಸೊನ್ನಿ ಏನ್ರೀ ಅಕ್ಕಾ?" ಎಂದು ಮೊದಲ ವಾರವೇ ಪ್ರೀತಿ ಕೇಳಿದ್ದಳು.

"ಅದು ನನ್ನ ನಂಬರವಾ. ಅವರ ಕಡಿ ಫೋನ್ ಇಲ್ಲ ಅಂತ ಅರ್ಥ. ಅಲ್ಲೆಲ್ಲ ಖಾಲಿ ಬಿಡು."

"ಈಗ ಹಾಂಗೇ ಇರ್ಲಿ ಬಿಡ್ರಿ. ಷರಾ ಅಂತ ಒಂದು ಕಾಲಂ ಮಾಡಿ ಗುರುತು ಹಾಕ್ತೀನಿ. ಕಡೀಕ ಒಮ್ಮೆಗೇ ತೆಗದ್ರಾತು."

ಕಡೆಗೆ ಬಂದಾಗ ಅವಸರವೇ ಅವಸರ. ಹೊಸ ವ್ಯವಸ್ಥೆಯಲ್ಲಿ ಷರಾಕ್ಕೆ ಜಾಗವೇ ಇರಲಿಲ್ಲ, ಪ್ರೀತಿ ಆ ಕಾಲಂ ಅಳಿಸಿದಳು, ನಂಬರು ತೆಗೆಯುವುದನ್ನು ಮರೆತಳು. ಅಲ್ಲಿ ಗಿರಾಕಿಯನ್ನು ಗುರುತಿಸುವುದು ಮೊಬೈಲ್ ನಂಬರಿನಿಂದ. ಒಂದೇ ನಂಬರಿದ್ದರೆ ಒಬ್ಬನೇ ಗಿರಾಕಿ, ಆ ನಂಬರು ಕೆಲಸದವರ ಪಟ್ಟಿಯಲ್ಲಿದ್ದರೆ ಅಲ್ಲಿನ ಹೆಸರೇ ಗಿರಾಕಿಯ ಹೆಸರು. ಪ್ರೀತಿ ಎರಡೂ ಕಡೆಯ ಆರ್ಡರುಗಳ ಸಂಖ್ಯೆ ತಾಳೆ ನೋಡಿದಳು, ಒಂದೂ ಹೆಚ್ಚುಕಡಿಮೆ ಇಲ್ಲ. ಗಿರಾಕಿಗಳ ಸಂಖ್ಯೆಯನ್ನು ನೋಡಲಿಲ್ಲ. ನೋಡಿದ್ದರೆ ಇನ್ನೂರಕ್ಕೂ ಹೆಚ್ಚು ರೈತರು ಮಾಯವಾಗಿದ್ದು ಅಲ್ಲೇ ಗೊತ್ತಾಗುತ್ತಿತ್ತು.

"ರಜಿಸ್ಟರ್ ಈ ಬಿತ್ತನಿ ಮುಗಿಯೋ ತನಕ ಇಡೋಣೇನವಾ?" ಎಂದಿದ್ದಳು ಕಸ್ತೂರಿಬಾಯಿ.

"ಎಲ್ಲಾ ಒಳಗ ಬಂದದ ಅಕ್ಕಾ, ಇನ್ನ ಅವು ಯಾಕ್ರಿ?"

ಹತ್ತೊಂಬತ್ತು ವರ್ಷದ ರಜಿಸ್ಟರುಗಳಿಗೆ ಕಸ್ತೂರಿಬಾಯಿ ತಾನೇ ಸುತಳಿ ಬಿಗಿದು ರದ್ದಿಯವನ ಗಾಡಿಗೆ ಹಾಕಿಸಿದಳು.

ಹದಿನೈದು ದಿನಕ್ಕೆ ಗಾಜಿಪುರದಲ್ಲಿದ್ದ ಸಾವ್ಕಾರರ ಮನೆಯಿಂದ ಕರೆ ಬಂತು. ಪಡಸಾಲೆಯಲ್ಲಿ ಅಮರನಾಥರು, ಎದುರಿಗೆ ಲ್ಯಾಪ್‌ಟಾಪ್ ತೆರೆದುಕೊಂಡು ಪ್ರೀತಿ. ಸಾವ್ಕಾರರು ಕೂತುಕೊಳ್ಳಲು ಹೇಳಲಿಲ್ಲ.

"ನಮ್ಮ ಎಲ್ಲಾಕಿಂತ ದೊಡ್ಡ ಗಿರಾಕಿ ಯಾರು ಗೊತ್ತೇನ್ರಿ ಕಸ್ತೂರಿಬಾಯಿ? ನೀವು. ಮುನ್ನೂರ ನಲವತ್ತೊಂದು ಆರ್ಡರ್ ನಿಮ್ಮ ನಂಬರ್ ಮ್ಯಾಲ ಅವ. ಕಮಲಾಪುರದಾಗ ನಮ್ಮ ಮಾಲು ಮಾರೋ ಧಂದೆ ಎಷ್ಟು ದಿನದಿಂದ ನಡಸೀರಿ?"

ಧಂದೆ? ಅವಳಿಗೆ ಮೊದಲು ಆ ಮಾತೇ ಅರ್ಥವಾಗಲಿಲ್ಲ. ಆಮೇಲೆ ಸಮಾಧಾನವೂ ಆಯಿತು. ಇಷ್ಟೇ ತಾನೆ, ಕೆಂಪು ಸೊನ್ನೆಯ ವಿಷಯ, ಪ್ರೀತಿಗೆ ಗೊತ್ತೇ ಇದೆ. "ಸಾವ್ಕಾರ್ರ, ಅವು ಫೋನ್ ಇಲ್ಲದ ರೈತರವು. ಈಕಿಗೆ ಹೇಳೀನ್ರಿ. ಈಕಿ ಕಡಿ ಫೋಟೊ ಅವ. ಹೇಳವಾ ಪ್ರೀತಿ."

ಪ್ರೀತಿ ತೆರೆಯಿಂದ ಕಣ್ಣೆತ್ತಲಿಲ್ಲ. "ಡಾಟಾದಾಗ ಏನಿತ್ತೋ ಅದೇ ಬಂದದ ಸರ್."

"ಫೋಟೊ?" ಎಂದರು ಸಾವ್ಕಾರರು.

"ಫೋನ್ ತುಂಬಿತ್ತು ಸರ್. ಡಿಲೀಟ್ ಮಾಡೀನಿ."

ಕಸ್ತೂರಿಬಾಯಿ ಅವಳನ್ನೇ ನೋಡುತ್ತ ನಿಂತಳು. ಇದು ಹೆದರಿಕೆಯ ಮಾತೆಂದು ತಿಳಿಯದಷ್ಟು ದಡ್ಡಿಯಲ್ಲ ಅವಳು. ತಪ್ಪು ತನ್ನದೆಂದು ಒಪ್ಪಿಕೊಂಡರೆ ಹುಡುಗಿಯ ನೌಕರಿ ಹೋದೀತು. ಆದರೆ ತನ್ನ ನೌಕರಿ ಉಳಿಸಿಕೊಳ್ಳಲು ಇನ್ನೊಬ್ಬಳ ಹೆಸರಿಗೆ ಮಸಿ ಬಳಿಯುವುದೇ? ರೊಟ್ಟಿ ಮುರಿದುಕೊಟ್ಟ ಕೈಯೆದುರಿಗೇ? ಸಾವ್ಕಾರರ ಮೇಲೆ ಅವಳಿಗೆ ಅಷ್ಟು ಸಿಟ್ಟು ಬರಲಿಲ್ಲ, ಈ ಹುಡುಗಿ ಕೈಕೊಟ್ಟದ್ದಕ್ಕೆ ಮೈಯೆಲ್ಲ ಉರಿಯಿತು.

"ನಾಳಿಂದ ಬರಬ್ಯಾಡ್ರಿ" ಎಂದರು ಅಮರನಾಥರು. ಹತ್ತೊಂಬತ್ತು ವರ್ಷ ಅಷ್ಟಕ್ಕೇ ಮುಗಿಯಿತು.

ಕಮಲಾಪುರದಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಸ್ಸಿಳಿದಿತ್ತು. ಅಂಗಡಿಯವರು ಮಾತಾಡಿಸುವಾಗ ಒಂದು ಕ್ಷಣ ತಡೆಯತೊಡಗಿದರು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಜೂನ್ ಬಂತು, ತೊಗರಿ ಬಿತ್ತನೆ ಹತ್ತಿರವಾಯಿತು. ಒಂದು ಮಧ್ಯಾಹ್ನ ಅವಳ ಮೊಬೈಲು ಟಿಣ್ ಎಂದಿತು. "ಕಸ್ತೂರಿಬಾಯಿ ಅವರೇ, ನಿಮ್ಮ ನಾಲ್ಕು ತಾಳಿನ ಕೂರಿಗೆ ಸಿದ್ಧವಾಗಿದೆ." ಮಹಾಗಾಂವದ ಮರೆಪ್ಪನದು, ಕೆಲಸ ಹೋಗುವ ಮುಂಚೆ ತಾನೇ ಬರೆದುಕೊಂಡ ಆರ್ಡರು, ಅಳತೆ ನೋಡುತ್ತಲೇ ಗೊತ್ತಾಯಿತು. ಛೀ, ನನಗ್ಯಾಕೆ ಎಂದು ಮೊಬೈಲನ್ನು ಬೋರಲು ಹಾಕಿದಳು. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಹೋಗಿ ಮಹಾಗಾಂವದ ಟೆಂಪೋದವನಿಗೆ ಹೇಳಿ ಬಂದಳು.

ಮರುದಿನ ಹನ್ನೊಂದಕ್ಕೆ ಇನ್ನೊಂದು ಸಂದೇಶ ಬಂತು, ಆರು ಅಂಕಿಯ ಓಟಿಪಿ. ಅದರ ಬೆನ್ನಿಗೇ ಪ್ರೀತಿಯ ಫೋನು.

"ಅಕ್ಕಾ, ಮರೆಪ್ಪ ಬಂದಾನ್ರಿ. ಓಟಿಪಿ ಹಾಕದ ಹೊರತು ಮಾಲು ಗೇಟ್ ದಾಟಂಗಿಲ್ಲ. ಅದು ನಿಮ್ಮ ನಂಬರಿಗೆ ಬಂದದ, ಹೇಳ್ರಿ."

"ಮರೆಪ್ಪನ ಮಾಲಿನ ಓಟಿಪಿ ನನಗ್ಯಾಕ ಬಂತವಾ?"

"ಅವ ಕಾಯಾಕತ್ತಾನ್ರಿ ಅಕ್ಕಾ, ಲಗೂನ ಹೇಳ್ರಿ" ಎಂದಳು ಪ್ರೀತಿ.

"ಸಾವ್ಕಾರ್ರು ಅಲ್ಲೇ ಅದಾರೇನು? ಅವರ ಮುಂದ ಹೇಳು, ಯಾಕ ಬಂತು ಅಂತ. ಇಷ್ಟೇ ಸಾಕು ನನಗ."

"ಅಕ್ಕಾ, ಹಂಗ ಮಾಡಬ್ಯಾಡ್ರಿ. ನನ್ನ ನೌಕರಿ ಹೋಗ್ತದ."

"ನಂದು ಹೋತಲ್ಲ. ನೌಕರಿ ಹೋಗ್ಲಿ, ಹೆಸರು ಹೋತಲ್ಲವಾ!"

ಆ ಕಡೆ ಬಿಕ್ಕಿದ ಸದ್ದು ಕೇಳಿಸಿತು. ಕಸ್ತೂರಿಬಾಯಿಯ ಮನಸ್ಸು ಕರಗಲಿಲ್ಲ. ಓಟಿಪಿ ಹೇಳದಿದ್ದರೆ ಗೆಲ್ಲುವವಳು ತಾನೇ, ಸಾವ್ಕಾರರು ಗೇಟಿಗೆ ಬಂದು ಏನೆಂದು ಕೇಳಲೇಬೇಕು. ಆದರೆ ಗೇಟಿನಲ್ಲಿ ನಿಂತವನು ಹೊಲ ಬಿಟ್ಟು ಬಂದ ಮರೆಪ್ಪ, ಬಿತ್ತನೆಯ ಹದ ಅವನಿಗಾಗಿ ಕಾಯುವುದಿಲ್ಲ.

"ಫೋನ್ ಅವಗ ಕೊಡು" ಎಂದಳು.

"ಬಾಯಾರ, ನೀವು ಹೇಳಿ ಕಳಿಸಿದ್ರಿ, ಬಂದೀನಿ. ಇವ್ರು ಮಾಲು ಬಿಡವಲ್ರು" ಎಂದ ಮರೆಪ್ಪ.

ಅವಳು ಆರೂ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿದಳು. ಅವನು ಒಂದೊಂದನ್ನೇ ಗಟ್ಟಿಯಾಗಿ ತಿರುಗಿ ಹೇಳಿದ. ಹಿಂದೆ ಗೇಟು ಸರಿದ ಸದ್ದಾಯಿತು.

ಸಂಜೆಯೊಳಗೆ ಮೊಬೈಲು ಮತ್ತೆ ಟಿಣ್ ಎಂದಿತು. "ಈ ಮೊಬೈಲ್ ಸಂಖ್ಯೆಯನ್ನು ನಮ್ಮ ದಾಖಲೆಯಿಂದ ತೆಗೆಯಲಾಗಿದೆ."

ಅಂದರೆ ತಪ್ಪು ಎಲ್ಲಿದೆಯೆಂದು ಹುಡುಗಿಗೆ ಗೊತ್ತಿತ್ತು, ತಿದ್ದಲು ಅರ್ಧ ದಿನವೂ ಬೇಕಾಗಲಿಲ್ಲ. ಕಸ್ತೂರಿಬಾಯಿ ಮೊಬೈಲು ಕೈಯಲ್ಲಿ ಹಿಡಿದು ಕತ್ತಲಾಗುವ ತನಕ ಕೂತಳು. ಸಾವ್ಕಾರರ ಫೋನು ಬರಬಹುದೆಂದು ಕಾದಳು. ಬರಲಿಲ್ಲ.