ರಬ್ಬರ್ ಮಾಮನೂ ಮತ್ತೆ ಮತ್ತೆ ಏಳುವ ಕಂಪ್ಯೂಟರೂ

ವೀರರಿಗೆ ಕತ್ತಿ ಇರುತ್ತದೆ, ರಾಜರಿಗೆ ಕಿರೀಟವಿರುತ್ತದೆ. ಆ ಬೀದಿಯ ಕಂಪ್ಯೂಟರ್ ರಿಪೇರಿಯವನ ಬಲಗಿವಿಯ ಮೇಲೆ ಒಂದು ರಬ್ಬರ್ ಇರುತ್ತಿತ್ತು. ಪೆನ್ಸಿಲ್ ಗೆರೆ ಅಳಿಸುವ, ಉದ್ದನೆಯ, ಒಂದು ತುದಿ ಸವೆದು ಇಲಿ ಕಡಿದಂತಾಗಿದ್ದ ಬಿಳಿ ರಬ್ಬರ್. ಅವನು ಅದಿಲ್ಲದೆ ಕಾಣಿಸಿಕೊಂಡದ್ದನ್ನು ನೋಡಿದವರಿಲ್ಲ. ಕ್ಷೌರಕ್ಕೆ ಕೂತಾಗಲೂ ಕ್ಷೌರಿಕ ಅದನ್ನು ಎಡಗಿವಿಗೆ ವರ್ಗಾಯಿಸಿ, ಕೆಲಸ ಮುಗಿದ ಮೇಲೆ ಮರಳಿ ಬಲಗಿವಿಗೇ ಇಟ್ಟು ಕಳಿಸುತ್ತಿದ್ದ. ಇದರಿಂದಾಗಿ ಅವನಿಗೆ ರಬ್ಬರ್ ಮಾಮ ಎಂಬ ಹೆಸರು ಬಂತು; ಹೆಸರಿನ ಹಿಂದೆಯೇ ಪುರಾಣವೂ ಬಂತು. ಆ ರಬ್ಬರು ಅವನ ಗುರುವಿನದು ಎಂದರು ಕೆಲವರು. ಕೆಟ್ಟ ಯಂತ್ರದ ಹತ್ತಿರ ಹೋದರೆ ಅದು ಬೆಚ್ಚಗಾಗುತ್ತದೆ, ಅದಕ್ಕೇ ಕಿವಿಗೆ ತಾಗಿಸಿಕೊಂಡಿರುತ್ತಾನೆ ಎಂದರು ಇನ್ನು ಕೆಲವರು. ಪಕ್ಕದ ಜೆರಾಕ್ಸ್ ಅಂಗಡಿಯಾಕೆ, ಅಂದರೆ ಎಲ್ಲರ ಬಾಯಲ್ಲಿ ಜೆರಾಕ್ಸಮ್ಮ, ಒಮ್ಮೆ ಗಿರಾಕಿಗೆ ದನಿ ತಗ್ಗಿಸಿ ಹೇಳಿದ್ದಳು: "ಒಂದ್ಸಲ ಉಜ್ಜಿದ ಅಂದ್ರೆ ಸತ್ತ ಕಂಪ್ಯೂಟರ್ ಕೆಮ್ಮಿಕೊಂಡು ಎದ್ದು ಕೂರುತ್ತೆ, ನನ್ನ ಕಣ್ಣಾರೆ ಕಂಡಿದೀನಿ."

ಇದರಲ್ಲಿ ಕೊಂಚ ಸತ್ಯವಿತ್ತು. ಕಂಪ್ಯೂಟರಿನ ರ‍್ಯಾಮ್ ಪಟ್ಟಿಯ, ಅಂದರೆ ಕೆಲಸದ ಹೊತ್ತಿನಲ್ಲಿ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ತುಣುಕಿನ, ಚಿನ್ನದ ಬಣ್ಣದ ಹಲ್ಲುಗಳಿಗೆ ಕೊಳೆ ಕೂತರೆ ರಬ್ಬರಿನಿಂದ ಉಜ್ಜಿ ತೆಗೆಯಬಹುದು. ಕೆಲವೊಮ್ಮೆ ಅಷ್ಟಕ್ಕೇ ಯಂತ್ರ ಸರಿಹೋಗುತ್ತದೆ. ಪುರಾಣಕ್ಕೆ ಅಷ್ಟು ಸತ್ಯ ಧಾರಾಳವಾಯಿತು.

ರಬ್ಬರ್ ಮಾಮನ ಅಕ್ಕ ಅದೇ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ, ಫೋಟೋ ಸ್ಟುಡಿಯೋ ಇಟ್ಟಿದ್ದಳು. ತಮ್ಮನ ಪುರಾಣವನ್ನು ಅವಳು ಎಂದೂ ನಂಬಿರಲಿಲ್ಲ. ಮೂಗು ಸೋರಿಸಿಕೊಂಡು ತಿರುಗುತ್ತಿದ್ದ ಕಾಲದಿಂದ ನೋಡಿದವಳು. ಆದರೆ ಅಂದು ಬೆಳಿಗ್ಗೆ ಅವಳಿಗೂ ಅವನೇ ದಿಕ್ಕಾದ.

ನಡೆದದ್ದಿಷ್ಟು. ತೊಂಬತ್ತು ದಾಟಿದ ಒಬ್ಬ ಅಜ್ಜಿಯ ಹುಟ್ಟುಹಬ್ಬದ ಫೋಟೋಗಳನ್ನು ಅವಳು ತೆಗೆದಿದ್ದಳು. ಅದರಲ್ಲೊಂದು ಚಿತ್ರದಲ್ಲಿ ಅಜ್ಜಿಯ ಇಡೀ ಸಂತಾನ ಒಟ್ಟಿಗೆ ನಿಂತಿತ್ತು. ಇದು ಸಾಮಾನ್ಯ ಸಂಗತಿಯಲ್ಲ. ಆ ಮನೆಯ ನಾಲ್ಕು ಗಂಡುಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸೊಸೆಯರು ನೋಡುತ್ತಿದ್ದರು, ಆದರೆ ನೋಡುವ ರೀತಿ ಬೇರೆ. ಅಜ್ಜಿ ಗದರಿ, ಅತ್ತು, ಎದೆ ಹಿಡಿದುಕೊಂಡು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರು. ಕ್ಯಾಮೆರಾ ಕ್ಲಿಕ್ ಎಂದ ಕ್ಷಣ ಎಲ್ಲರೂ ನಕ್ಕಿದ್ದರು. ಕೇಕ್ ಕತ್ತರಿಸುವ ಹೊತ್ತಿಗೆ ಯಾರಿಗೆ ದೊಡ್ಡ ತುಂಡು ಎಂಬ ವಿಚಾರದಲ್ಲಿ ಮತ್ತೆ ಮಾತು ಬಿಟ್ಟಿದ್ದರು. ಇನ್ನೊಮ್ಮೆ ಆ ಫೋಟೋ ತೆಗೆಯುವುದು ಯಾರಿಂದಲೂ ಆಗದ ಕೆಲಸ. ಕ್ಯಾಮೆರಾದ ಕಾರ್ಡನ್ನು ಅಕ್ಕ ಮುಂದಿನ ಕೆಲಸಕ್ಕೆಂದು ಖಾಲಿ ಮಾಡಿದ್ದಳು. ಉಳಿದದ್ದು ಸ್ಟುಡಿಯೋ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿದ್ದ ಒಂದೇ ಪ್ರತಿ. ಚಿತ್ರ ಒಯ್ಯಲು ಅಜ್ಜಿ ಸಂಜೆ ಖುದ್ದಾಗಿ ಬರುವವರಿದ್ದರು.

ಆ ಕಂಪ್ಯೂಟರೋ, ವಾರದಿಂದ ತನ್ನಷ್ಟಕ್ಕೆ ಆರಿ, ತನ್ನಷ್ಟಕ್ಕೆ ಹೊತ್ತಿಕೊಳ್ಳುತ್ತಿತ್ತು. ಅಕ್ಕನ ಗಂಡ ಎಲ್ಲ ಬಲ್ಲವನು. ಬಲ್ಲದ್ದನ್ನೆಲ್ಲ ಕೂಡಲೇ ಮಾಡಿಬಿಡುವವನು. ಹೆಂಡತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಪೆನ್‌ಡ್ರೈವ್ ಚುಚ್ಚಿ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಲು ಕೂತ. ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಬಂದಾಗ ಪರದೆಯ ಮೇಲೆ 'ಯಾವ ಡಿಸ್ಕ್ ಅಳಿಸಲಿ?' ಎಂಬ ಪ್ರಶ್ನೆಯಿತ್ತು. ಗಂಡನ ಬೆರಳು ಮೌಸಿನ ಮೇಲಿತ್ತು.

"ರೀ! ನನ್ನ ಫೋಟೋ!" ಎಂದು ಅವಳು ಕಿರುಚಿದ್ದಕ್ಕೂ, ಕಂಪ್ಯೂಟರ್ ಟಪ್ಪೆಂದು ಆರಿ ಮತ್ತೆ ಮೊದಲಿನಿಂದ ಶುರುವಾದದ್ದಕ್ಕೂ ಸರಿಹೋಯಿತು.

"ಇದೇ ನೋಡು ಇದರ ಬುದ್ಧಿ," ಎಂದ ಗಂಡ. "ಕೂತಾಗಿನಿಂದ ಹೀಗೇ. ಒಂದ್ಸಲ ಶುರುವಿನಲ್ಲೇ ಕಲ್ಲಾಗುತ್ತೆ, ಒಂದ್ಸಲ ಭಾಷೆ ಯಾವುದು ಅಂತ ಕೇಳಿ ಉತ್ತರಕ್ಕೆ ಕಾಯದೆ ಎದ್ದು ಹೋಗುತ್ತೆ. ಹಾರ್ಡ್‌ಡಿಸ್ಕ್ ಹೋಗಿದೆ ಅಷ್ಟೆ. ಅಳಿಸಿದ್ರೆ ಸರಿಹೋಗುತ್ತೆ."

"ಹೋಗಿದ್ರೆ ಅಳಿಸೋದು ಯಾಕೆ? ಅಳಿಸಿದ್ರೆ ಅಜ್ಜಿಗೆ ಏನು ಕೊಡ್ಲಿ, ನಿಮ್ಮನ್ನ ಫ್ರೇಮ್ ಹಾಕಿ ಕೊಡ್ಲಾ?"

ಹೀಗೆ ತಮ್ಮನಿಗೆ ಕರೆ ಹೋಯಿತು. ಅವನು ಬಂದ. ಕಿವಿಯಲ್ಲಿ ರಬ್ಬರ್, ಕೈಯಲ್ಲಿ ಚೀಲ, ಮುಖದಲ್ಲಿ ಯುದ್ಧಕ್ಕೆ ಹೊರಟ ಕಳೆ. ಜೆರಾಕ್ಸಮ್ಮ ಅಂಗಡಿ ಬಿಟ್ಟು ಹಿಂದೆಯೇ ಬಂದಳು. ಎಲ್ಲರೂ ರಬ್ಬರಿನ ಮೇಲೇ ಕಣ್ಣು ನೆಟ್ಟರು. ಅವನು ಅದನ್ನು ಮುಟ್ಟಲೂ ಇಲ್ಲ. ಕರೆಂಟ್ ಆರಿಸಿ, ಡಬ್ಬಿ ಬಿಚ್ಚಿ, ಹಾರ್ಡ್‌ಡಿಸ್ಕಿನ ವೈರುಗಳನ್ನು ಕಿತ್ತು, ಅದನ್ನು ಹೊರತೆಗೆದು ಅಕ್ಕನ ಕೈಗೆ ಕೊಟ್ಟ.

"ಮಡಿಲಲ್ಲಿ ಇಟ್ಕೋ. ಬೀಳಿಸಬೇಡ."

"ಡಿಸ್ಕೇ ಇಲ್ಲದೆ ಎಲ್ಲಿಗಯ್ಯಾ ಇನ್‌ಸ್ಟಾಲ್ ಮಾಡ್ತೀಯ?" ಎಂದ ಭಾವ.

"ಮಾಡಲ್ಲ ಭಾವ. ಅದು ಇಲ್ದೇ ಇದ್ರೂ ಇದು ಬಿದ್ದು ಎದ್ದು ಮಾಡುತ್ತಾ ನೋಡ್ಬೇಕು."

ಮಾಡಿತು. ಶುರುವಿನಲ್ಲೇ ಕಲ್ಲಾಯಿತು, ಆರಿತು, ಮತ್ತೆ ಹೊತ್ತಿಕೊಂಡಿತು.

"ಮನೆಯಲ್ಲೇ ಇಲ್ಲದವನ ಮೇಲೆ ಕಳ್ಳತನ ಹೊರಿಸೋಕಾಗಲ್ಲ," ಎಂದ ಮಾಮ. "ಹಾಗಂತ ಡಿಸ್ಕ್ ಗಟ್ಟಿಯಾಗಿದೆ ಅಂತಲೂ ಹೇಳಲ್ಲ. ಅದರ ವಿಚಾರಣೆ ಆಮೇಲೆ. ಈ ತೊಂದರೆ ಮಾತ್ರ ಅದರದ್ದಲ್ಲ."

ಅಕ್ಕ ಹಾರ್ಡ್‌ಡಿಸ್ಕನ್ನು ತಲೆಯಿಂದ ಬಿಚ್ಚಿದ ಟವೆಲಿನಲ್ಲಿ ಸುತ್ತಿ, ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಟವೆಲ್ ಒದ್ದೆಯೆಂದು ನೆನಪಾಗಿ, ಗಂಡನ ಇಸ್ತ್ರಿ ಮಾಡಿದ ಅಂಗಿಗೆ ಬದಲಾಯಿಸಿದಳು.

ಮುಂದಿನ ಆರೋಪಿ ಪೆನ್‌ಡ್ರೈವ್. ಅದನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಬೇಕು ಎಂದಾಗ ಎಲ್ಲರೂ ಜೆರಾಕ್ಸಮ್ಮನತ್ತ ತಿರುಗಿದರು. ಅವಳು ಸೆರಗು ಬಿಗಿದಳು.

"ಅಯ್ಯೋ, ನಂದಕ್ಕೆ ಬೇಡಪ್ಪ! ರೋಗ ಅಂಟಿದ್ರೆ?"

"ಭಾಷೆ ಕೇಳೋ ಪುಟ ಬರೋವರೆಗೆ ಅಷ್ಟೇ ಅಮ್ಮಾ. ನಿಮ್ಮ ಡಿಸ್ಕನ್ನ ಮುಟ್ಟೋ ಮೊದಲೇ ಎಳ್ಕೋತೀನಿ."

ದಂಡು ಜೆರಾಕ್ಸ್ ಅಂಗಡಿಗೆ ನಡೆಯಿತು: ಮುಂದೆ ಮಾಮ, ನಡುವೆ ಪೆನ್‌ಡ್ರೈವ್ ಹಿಡಿದ ಭಾವ, ಹಿಂದೆ ಅಂಗಿಯಲ್ಲಿ ಡಿಸ್ಕ್ ಅಪ್ಪಿಕೊಂಡ ಅಕ್ಕ. ಎದುರಿಗೆ ಬಂದವರು ದಾರಿ ಬಿಟ್ಟರು, ಒಬ್ಬರು "ಗಂಡೋ ಹೆಣ್ಣೋ?" ಎಂದೂ ಕೇಳಿದರು. ಜೆರಾಕ್ಸಮ್ಮನ ಆರೋಗ್ಯವಂತ ಯಂತ್ರದಲ್ಲಿ ಪೆನ್‌ಡ್ರೈವ್ ಅರ್ಧ ಓಡಿ ನಿಂತಿತು. ಮತ್ತೆ ಹಚ್ಚಿದರು. ಅದೇ ಜಾಗದಲ್ಲಿ ನಿಂತಿತು. ಮೂರನೆಯ ಸಲವೂ ಅಲ್ಲೇ.

"ಸಿಕ್ಕಿಬಿದ್ದ!" ಎಂದು ಮಾಮ ತೊಡೆ ತಟ್ಟಿದ. "ಪ್ರತಿಸಲ ಒಂದೇ ಜಾಗದಲ್ಲಿ ನಿಂತ್ರೆ, ಅದೂ ಚೆನ್ನಾಗಿರೋ ಮೆಷಿನ್‌ನಲ್ಲಿ, ಪೆನ್‌ಡ್ರೈವಿನಲ್ಲಿರೋದೇ ಕೆಟ್ಟಿದೆ ಅಂತ ಅರ್ಥ."

ಅಲ್ಲೇ ಇನ್‌ಸ್ಟಾಲ್ ಫೈಲನ್ನು ಹೊಸದಾಗಿ ಇಳಿಸಿಕೊಂಡ. ಅದನ್ನು ತಯಾರಿಸಿದವರು ಫೈಲಿನ ಜೊತೆಗೆ ಉದ್ದನೆಯ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತಾರೆ. ಇಳಿದ ಫೈಲಿನಲ್ಲಿ ಒಂದಕ್ಷರ ಆಚೀಚೆಯಾಗಿದ್ದರೂ ಆ ಸಂಖ್ಯೆ ಹೊಂದುವುದಿಲ್ಲ. ಹೊಂದಿತು. ಅದೇ ಪೆನ್‌ಡ್ರೈವಿಗೆ ಮತ್ತೆ ಬರೆದ. ಈಗ ಅದು ಜೆರಾಕ್ಸಮ್ಮನ ಯಂತ್ರದಲ್ಲಿ ಕುದುರೆಯಂತೆ ಓಡಿ ಭಾಷೆ ಕೇಳಿತು. ಮಾಮ ಅದನ್ನು ಎಳೆದುಕೊಂಡು ಗೆದ್ದ ಸೇನಾಪತಿಯಂತೆ ಸ್ಟುಡಿಯೋಕ್ಕೆ ಮರಳಿದ. "ಚಹಾ ಇಡಕ್ಕಾ, ಮುಗೀತು!"

ಪೆನ್‌ಡ್ರೈವ್ ಚುಚ್ಚಿದ. ಕಂಪ್ಯೂಟರ್ ಭಾಷೆ ಕೇಳಿತು, ಗಡಿಯಾರದ ಸಮಯ ಕೇಳುವ ಪುಟಕ್ಕೆ ಬಂತು, ಟಪ್ಪೆಂದು ಆರಿತು. ಮತ್ತೆ ಎದ್ದಿತು, ಈ ಸಲ ಭಾಷೆಯವರೆಗೂ ಬರಲಿಲ್ಲ.

ಭಾವನ ಮುಖ ಅರಳಿತು.

"ಮುಗೀತಾ?" ಎಂದ.

ಮಾಮನ ಮೀಸೆ ಇಳಿಯಿತು. ಒಂದು ಗಳಿಗೆ ತಲೆ ಕೆರೆದುಕೊಂಡ. ಆಮೇಲೆ ಕೇಳಿದ: "ಭಾವ, ಮೊದಲು ಈ ಪೆನ್‌ಡ್ರೈವ್ ಬರೆದದ್ದು ಎಲ್ಲಿ?"

"ಇಲ್ಲೇ. ಇದೇ ಮೆಷಿನ್‌ನಲ್ಲಿ. ವಾರದಿಂದ, ಬಿದ್ದು ಏಳೋ ನಡುವೆ ಸಮಯ ಸಿಕ್ಕಾಗ. ಇವತ್ತು ನೀನು ಬರೋ ಮೊದಲೂ ಇನ್ನೊಂದ್ಸಲ ಬರೆದೆ. ಎಷ್ಟು ಸಲ ಬರೆದೆ ಅಂತ ಲೆಕ್ಕವೇ ಇಲ್ಲ, ಒಂದೂ ಸರಿಬರಲಿಲ್ಲ."

"ಜ್ವರ ಬಂದವನ ಕೈಯಲ್ಲೇ ಕಷಾಯ ಕಾಯಿಸಿದ್ರಾ ಭಾವ! ಕಷಾಯದ ತುಂಬ ಅವನ ನಡುಕವೇ." ಮಾಮನಿಗೆ ಮತ್ತೆ ಜೀವ ಬಂತು. "ಪೆನ್‌ಡ್ರೈವ್ ಪಾಪ ಒಳ್ಳೇದೇ. ಬರೆದ ಮೆಷಿನ್ನೇ ತಪ್ಪು ತಪ್ಪಾಗಿ ಬರೆದಿದೆ. ಒಂದೊಂದು ಸಲ ಒಂದೊಂದು ಜಾಗದಲ್ಲಿ ಬೀಳ್ತಿದೆ, ಡಿಸ್ಕ್ ಇಲ್ದೇನೂ ಬೀಳ್ತಿದೆ. ಇದು ರ‍್ಯಾಮ್ ಇರಬೇಕು."

ಚೀಲದಿಂದ ತನ್ನದೇ ಒಂದು ಪೆನ್‌ಡ್ರೈವ್ ತೆಗೆದ. ಅದರಲ್ಲಿ ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಮ್ ಇತ್ತು. ಓಡಿಸಿದ ಕೂಡಲೇ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು ಉಕ್ಕಿದವು. ಆಗ, ಕೊನೆಗೂ, ಮಾಮನ ಕೈ ಕಿವಿಯತ್ತ ಹೋಯಿತು. ಜೆರಾಕ್ಸಮ್ಮ ಕೈ ಮುಗಿದೇಬಿಟ್ಟಳು. ಕರೆಂಟ್ ಆರಿಸಿ ಎರಡು ರ‍್ಯಾಮ್ ಪಟ್ಟಿಗಳನ್ನು ಹೊರತೆಗೆದು, ಹಲ್ಲುಗಳನ್ನು ಹಗುರಾಗಿ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿದ. ಹೊತ್ತಿಸಿದ.

ಮೊದಲಿಗಿಂತ ಹೆಚ್ಚು ಕೆಂಪು.

"ರಬ್ಬರ್ ಹಳೇದಾಯ್ತೇನೋ," ಎಂದಳು ಜೆರಾಕ್ಸಮ್ಮ, ಪುರಾಣ ಬಿಡಲಾಗದೆ.

ಮಾಮ ಒಂದು ಪಟ್ಟಿ ತೆಗೆದಿಟ್ಟು ಇನ್ನೊಂದನ್ನಷ್ಟೇ ಬಿಟ್ಟ. ಕೆಂಪು. ಅದನ್ನೇ ಪಕ್ಕದ ಗೂಡಿಗೆ ಹಾಕಿದ. ಅಲ್ಲೂ ಕೆಂಪು, ಅಂದರೆ ಗೂಡಿನ ತಪ್ಪಲ್ಲ. ಅದನ್ನು ತೆಗೆದು, ಮೊದಲು ತೆಗೆದಿಟ್ಟಿದ್ದ ಪಟ್ಟಿಯನ್ನು ಅದೇ ಗೂಡಿಗೆ ಹಾಕಿದ. ಊಟದ ಹೊತ್ತು ಕಳೆಯಿತು, ಚಹಾ ಬಂತು, ಬಿಸ್ಕತ್ತು ಮುಗಿಯಿತು, ಭಾವ ಗೊರಕೆ ಹೊಡೆದ. ಒಂದೂ ಕೆಂಪು ಸಾಲು ಬರಲಿಲ್ಲ. ಕೆಟ್ಟದ್ದು ಆ ಇನ್ನೊಂದು ಪಟ್ಟಿ ಮಾತ್ರ.

ಈಗ ಅಕ್ಕನ ಮಡಿಲ ಕೂಸಿನ ಸರದಿ. ಮಾಮ ಡಿಸ್ಕನ್ನು ಜೋಡಿಸಿದ. ತನ್ನ ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ನಡೆಸಿ, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಆರೋಗ್ಯದ ವರದಿ ನೋಡಿದ. ಕೆಟ್ಟ ಜಾಗಗಳಿಲ್ಲ, ಓದಲಾಗದ ಜಾಗಗಳಿಲ್ಲ, ಕಟಕಟ ಸದ್ದೂ ಇಲ್ಲ. ಆದರೂ ಬೇರೇನೂ ಮಾಡುವ ಮೊದಲು ಫೋಟೋಗಳನ್ನು ತನ್ನ ಚೀಲದಲ್ಲಿದ್ದ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಒಂದೊಂದನ್ನೂ ತೆರೆದು ತೋರಿಸಿದ. ಕೇಕಿನ ಫೋಟೋಕ್ಕೆ ಅಡ್ಡಲಾಗಿ ಬೂದು ಪಟ್ಟಿ ಬಿದ್ದಿತ್ತು.

"ಕ್ಯಾಮೆರಾದಿಂದ ಇಳಿಸಿಕೊಳ್ಳೋವಾಗ ಆ ರ‍್ಯಾಮ್ ಕೇಕ್ ತಿಂದಿದೆ," ಎಂದ.

ಮುಂದಿನದು ಸಂತಾನದ ಫೋಟೋ. ಅಕ್ಕ ಕಣ್ಣು ಮುಚ್ಚಿಕೊಂಡಳು. "ನೋಡಕ್ಕಾ," ಎಂದು ತಮ್ಮ ಮೊಣಕೈಯಿಂದ ತಿವಿದ. ನಾಲ್ಕೂ ಗಂಡುಮಕ್ಕಳು ನಗುತ್ತಿದ್ದರು. ಸೊಸೆಯರೂ ನಗುತ್ತಿದ್ದರು. ಅಕ್ಕ ಮಾತ್ರ ಅತ್ತಳು.

ಪೆನ್‌ಡ್ರೈವ್ ತೆಗೆದು ಹೊತ್ತಿಸಿದರೆ ಹಳೆಯ ಕಂಪ್ಯೂಟರ್ ಏನೂ ಆಗಿಯೇ ಇಲ್ಲವೆಂಬಂತೆ ತನ್ನಷ್ಟಕ್ಕೆ ಶುರುವಾಯಿತು. ಇನ್‌ಸ್ಟಾಲ್ ಮಾಡುವ ಪ್ರಮೇಯವೇ ಬರಲಿಲ್ಲ. ಭಾವ ಎದ್ದು ಕಣ್ಣುಜ್ಜಿ, "ನಾನು ಆಗ್ಲೇ ಹೇಳ್ಲಿಲ್ವಾ," ಎಂದ. ಏನು ಹೇಳಿದ್ದೆ ಎಂದು ಯಾರೂ ಕೇಳಲಿಲ್ಲ.

ಸಂಜೆ ಅಜ್ಜಿ ಬಂದರು. ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಜೆರಾಕ್ಸಮ್ಮ ದಿನದ ಯುದ್ಧವನ್ನೆಲ್ಲ ರಬ್ಬರಿನ ಪ್ರತಾಪವಾಗಿ ವರ್ಣಿಸಿ ಮುಗಿಸಿದ್ದಳು.

"ಏನಪ್ಪಾ," ಎಂದರು ಅಜ್ಜಿ ಮಾಮನ ಕಿವಿಯತ್ತ ಬೆರಳು ಮಾಡಿ, "ಅದರಿಂದ ನನ್ನ ಮೂರನೇ ಸೊಸೇನ ಇದರೊಳಗಿಂದ ಅಳಿಸೋಕಾಗುತ್ತಾ?"

"ಆಗಲ್ಲ ಅಜ್ಜಿ. ಇವತ್ತು ಇದರಿಂದ ಏನೂ ಆಗ್ಲಿಲ್ಲ. ಒಂದೊಂದೇ ತೆಗೆದು ನೋಡ್ದೆ ಅಷ್ಟೆ."

"ಮತ್ತೆ ಅದನ್ನ ಕಿವಿ ಮೇಲೆ ಯಾಕಪ್ಪಾ ಹೊತ್ಕೊಂಡು ತಿರುಗ್ತೀಯ?"

ಅಕ್ಕ ಮುಂದೆ ಬಾಗಿದಳು. ಜೆರಾಕ್ಸಮ್ಮ ಬಾಗಿಲಲ್ಲೇ ನಿಂತಳು. ಭಾವ ಕೂಡ ಚಹಾ ಲೋಟ ಕೆಳಗಿಟ್ಟ.

"ಜೇಬು ತೂತು ಅಜ್ಜಿ," ಎಂದ ರಬ್ಬರ್ ಮಾಮ.