ಸೆಪ್ಟೆಂಬರ್ ಎಂಟರ ಆಫ್

ಸರ್ಕಾರಿ ಕಚೇರಿಗಳಂತೆ ನಮ್ಮ ಆಸ್ಪತ್ರೆಯ ಗೋಡೆಯ ಮೇಲೂ ವರ್ಷದ ರಜಾಪಟ್ಟಿ ಅಂಟಿಸಿರುತ್ತಿತ್ತು. ಆ ದಿನಗಳಲ್ಲಿ ಹೊರರೋಗಿಗಳ ವಿಭಾಗಕ್ಕೆ ಬೀಗ ಬೀಳುತ್ತಿತ್ತು. ವಾರ್ಡಿಗೆ ಮಾತ್ರ ಬೀಗವೇ ಇರಲಿಲ್ಲ. ದೀಪಾವಳಿಯಂದೂ ಡ್ರಿಪ್ ಬದಲಾಯಿಸಬೇಕು, ಹೋಳಿಯಂದೂ ಜ್ವರ ನೋಡಿ ಬರೆಯಬೇಕು. ಹಾಗಾಗಿ ದೆಹಲಿಯ ಆ ಆಸ್ಪತ್ರೆಯ ಮಕ್ಕಳ ಜ್ವರದ ವಾರ್ಡಿಗೆ ನಾನು ಸಿಸ್ಟರ್ ಇನ್‌ಚಾರ್ಜ್ ಆಗಿದ್ದಷ್ಟು ಕಾಲವೂ ನಮ್ಮ ಹಬ್ಬಗಳು ಗೋಡೆಯ ಪಟ್ಟಿಯಂತೆ ನಡೆಯಲಿಲ್ಲ, ಡ್ಯೂಟಿ ರೋಸ್ಟರಿನಂತೆ ನಡೆದವು. ಆ ರೋಸ್ಟರ್ ಹಾಕುತ್ತಿದ್ದವಳು ನಾನು.

ನಾನು ತರಬೇತಿ ಪಡೆದದ್ದು ಮೈಸೂರಿನಲ್ಲಿ. ಹಾಸ್ಟೆಲಿನಲ್ಲಿ ಬೆಳಕು ಹರಿಯುವ ಮೊದಲೇ ಗಂಟೆ ಬಾರಿಸುತ್ತಿದ್ದರು. ಹಾಸಿಗೆಯ ಮೂಲೆ ಸರಿಯಾಗಿ ಮಡಿಸಿರದಿದ್ದರೆ ತಿಂಡಿಗೆ ಮೊದಲು ಇಡೀ ಸಾಲು ಮತ್ತೆ ಮಡಿಸಬೇಕಿತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ. ನಿವೃತ್ತಿಯಾದ ಮೇಲೂ ಕರೋಲ್ ಬಾಗಿನ ಈ ಮನೆಯಲ್ಲಿ ಟವೆಲ್ಲುಗಳು ಒಂದೇ ಅಳತೆಗೆ ಮಡಿಸಿರುತ್ತವೆ. ಮೊಮ್ಮಗಳು ನಗುತ್ತಾಳೆ, ನಗಲಿ.

ಹಬ್ಬದ ವಿಷಯದಲ್ಲಿ ನನ್ನ ವಾರ್ಡಿನ ಕ್ರಮ ಸರಳ. ಕ್ರಿಸ್‌ಮಸ್ಸಿಗೆ ಕ್ರೈಸ್ತ ನರ್ಸುಗಳು ಮನೆಯಲ್ಲಿ, ಉಳಿದವರು ವಾರ್ಡಿನಲ್ಲಿ. ದೀಪಾವಳಿಗೆ ಅದು ತಿರುಗುಮುರುಗು. ಇದರಲ್ಲಿ ಯಾರ ತಕರಾರೂ ಇರಲಿಲ್ಲ. ಆದ್ದರಿಂದ ಒಂದು ಆಗಸ್ಟಿನಲ್ಲಿ ಮಂಗಳೂರಿನ ಹುಡುಗಿ ಬಂದು, "ಸಿಸ್ಟರ್, ನನಗೆ ಈ ಸಲ ಕ್ರಿಸ್‌ಮಸ್ ಬೇಡ. ಸೆಪ್ಟೆಂಬರ್ ಎಂಟು ಬೇಕು," ಎಂದಾಗ ನಾನು ಪೆನ್ನು ಕೆಳಗಿಟ್ಟೆ.

ಹುಡುಗಿ ಎನ್ನುವುದು ನನ್ನ ರೂಢಿ. ಆಕೆಗೆ ಮೂವತ್ತು ದಾಟಿತ್ತು. ವಾರ್ಡಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ಬೇರೆಯವರ ಮುಂದೆ ಹಿಂದಿ, ಔಷಧಿ ಕೋಣೆಯೊಳಗೆ ಕನ್ನಡ.

"ಎಂಟಕ್ಕೆ ಏನಿದೆ?"

"ಮೋಂತಿ ಫೆಸ್ತ್. ನಿಮ್ಮ ಲೆಕ್ಕದಲ್ಲಿ ತೆನೆ ಹಬ್ಬ. ಮಾತೆ ಮರಿಯಮ್ಮ ಹುಟ್ಟಿದ ದಿನ. ಇಗರ್ಜಿಯಲ್ಲಿ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿ ಕೊಡ್ತಾರೆ. ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ತಿನ್ನುದು."

"ಗೋಡೆ ಮೇಲಿನ ಪಟ್ಟಿಯಲ್ಲಿದೆಯಾ?"

"ಇಲ್ಲ ಸಿಸ್ಟರ್. ಗೆಜೆಟೆಡ್‌ನಲ್ಲೂ ಇಲ್ಲ, ಆರ್‌ಎಚ್‌ನಲ್ಲೂ ಇಲ್ಲ."

ಆರ್‌ಎಚ್ ಎಂದರೆ ನಿರ್ಬಂಧಿತ ರಜೆ. ಒಂದು ಉದ್ದನೆಯ ಪಟ್ಟಿಯಿಂದ ನೌಕರರು ವರ್ಷಕ್ಕೆ ಎರಡು ದಿನ ಆರಿಸಿಕೊಳ್ಳಬಹುದು. ಯುಗಾದಿ, ಗಣೇಶನ ಹಬ್ಬಗಳಿಗೆ ನಾವು ಕನ್ನಡದವರು ನೆಚ್ಚಿಕೊಂಡಿದ್ದುದು ಅದನ್ನೇ. ತೆನೆ ಹಬ್ಬಕ್ಕೆ ಆ ದಾರಿಯೂ ಇರಲಿಲ್ಲ. ಸಾಲದ್ದಕ್ಕೆ ಡೆಂಗಿ ಕಾಲ. ಮಳೆಗಾಲದ ಕೊನೆಗೆ ನಮ್ಮ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ರೋಗಿಗಳಾಗುತ್ತಿದ್ದರು. ಯಾರಿಗೂ ರಜೆ ಇಲ್ಲ, ವಾರದ ಆಫ್ ಮಾತ್ರ ಎಂಬ ಆದೇಶ ಆಗಲೇ ಬಂದಿತ್ತು.

"ಇಷ್ಟು ವರ್ಷ ಕೇಳದವಳು ಈಗ ಯಾಕೆ ಕೇಳ್ತಿದ್ದೀಯ?"

ಅವಳು ಸಿರಿಂಜಿನ ಟ್ರೇ ಜೋಡಿಸುತ್ತಲೇ ಹೇಳಿದಳು. ಮದುವೆಯಾಗಿ ನಾಲ್ಕು ವರ್ಷ. ಗಂಡ ಗಢವಾಲಿನ ಕಡೆಯ ಹಿಂದೂ. ಇಬ್ಬರೂ ಘಾಜಿಯಾಬಾದಿನಲ್ಲಿ ಮನೆ ಮಾಡಿದ್ದರು. ಮದುವೆಗೆ ಅವಳ ತಂದೆ ಬರಲಿಲ್ಲ, ಆಮೇಲೆ ಮಾತೂ ಆಡಲಿಲ್ಲ.

"ನಮ್ಮಲ್ಲಿ ಒಂದು ಕ್ರಮ ಉಂಟು ಸಿಸ್ಟರ್. ಹಬ್ಬಕ್ಕೆ ಬರ್ಲಿಕ್ಕೆ ಆಗದವರಿಗೆ ಕವರಿನಲ್ಲಿ ಕಾಳು ಹಾಕಿ ಕಳಿಸ್ತಾರೆ. ದುಬೈಯಲ್ಲಿರುವ ಅಣ್ಣನಿಗೂ ಹೋಗ್ತದೆ. ನರ್ಸಿಂಗ್ ಓದುವಾಗ ನನಗೂ ಬರ್ತಿತ್ತು. ಮದುವೆ ಆದ ಮೇಲೆ ಬರ್ಲಿಲ್ಲ. ಅಪ್ಪನ ಲೆಕ್ಕದಲ್ಲಿ ನಾನು ಆ ಮನೆಯವಳಲ್ಲ ಅಂತ ಅರ್ಥ, ಅಲ್ವಾ? ಮೊನ್ನೆ ಅವರೇ ಫೋನ್ ಮಾಡಿದ್ರು. 'ಈ ಸಲ ಹೊಸ ಅಕ್ಕಿ ಊಟಕ್ಕೆ ಬಾ' ಅಂದ್ರು. ಅಷ್ಟೇ ಮಾತು."

"ಗಂಡನನ್ನ ಕರೆದ್ರಾ?"

"ಅವರ ಹೆಸರು ತೆಗೆಯಲಿಲ್ಲ."

ಅಷ್ಟು ಕೇಳಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟರ ಕೋಣೆಗೆ ಹೋದೆ. ಪಂಜಾಬಿ ಹೆಂಗಸು, ಒರಟು ಮಾತು, ಒಳ್ಳೆಯ ಮನಸ್ಸು. ನನ್ನ ಮಾತು ಮುಗಿಯುವ ಮೊದಲೇ ಕೈ ಎತ್ತಿ ತಡೆದರು.

"ಇದೊಂದಕ್ಕೆ ಸಹಿ ಹಾಕಿದರೆ ನಾಳೆ ಬಾಗಿಲ ಮುಂದೆ ಇಪ್ಪತ್ತು ಜನ ನಿಲ್ತಾರೆ. ಛಠ್ ಅಂತಾರೆ, ಓಣಂ ಅಂತಾರೆ. ತುರ್ತು ಇದ್ದರೆ ಮಾತ್ರ ರಜೆ. ತಾಯಿಗೆ ಹುಷಾರಿಲ್ಲ ಅಂತ ಬರೆಸಿ ತನ್ನಿ, ಈಗಲೇ ಕೊಡ್ತೀನಿ. ನಾನೇನು ಫೋನ್ ಮಾಡಿ ವಿಚಾರಿಸ್ತೀನಾ?"

ವಾರ್ಡಿಗೆ ಬಂದು ಅದನ್ನೇ ಹೇಳಿದೆ. ಮಂಗಳೂರಿನವಳು ತಲೆಯಾಡಿಸಿದಳು.

"ಬೇಡ ಸಿಸ್ಟರ್. ಅಮ್ಮನಿಗೆ ಕಾಯಿಲೆ ಅಂತ ಬರೆದು ಹೋಗಿ ಅವಳ ಕೈಯಿಂದಲೇ ಆಶೀರ್ವಾದದ ಅನ್ನ ತಿನ್ನುದು ಹೇಗೆ? ಗಂಟಲಲ್ಲಿ ಇಳಿಯುದಿಲ್ಲ."

ಅವಳು ಹಾಗೆಂದದ್ದು ನನಗೆ ಹಿತವೆನಿಸಿತು. ನನ್ನ ಕೈಯಲ್ಲಿದ್ದದ್ದು ರೋಸ್ಟರ್ ಒಂದೇ. ಅದನ್ನು ಮುಂದಿಟ್ಟುಕೊಂಡು ಕೂತೆ.

ದೂರದ ಊರಿನ ನರ್ಸುಗಳಿಗೆಲ್ಲ ಗೊತ್ತಿರುವ ಉಪಾಯ ಒಂದಿದೆ. ಆಫ್ ಇರುವ ಹಿಂದಿನ ದಿನ ಬೆಳಗಿನ ಪಾಳಿ ಹಾಕಿಸಿಕೊಂಡರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಆಫ್ ಮುಗಿದ ಮರುದಿನ ರಾತ್ರಿ ಪಾಳಿ ಹಾಕಿಸಿಕೊಂಡರೆ ಎಂಟಕ್ಕೆ ಬಂದರೆ ಸಾಕು. ಕಾಗದದ ಮೇಲೆ ಒಂದೇ ಆಫ್, ರಜೆಯ ಅರ್ಜಿಯೇ ಬೇಡ, ಆದರೆ ನಡುವೆ ಊರಿಗೆ ಹೋಗಿ ಬರುವಷ್ಟು ಹೊತ್ತು ಸಿಗುತ್ತದೆ. ಏಳರ ಮಧ್ಯಾಹ್ನ ಹೊರಟು ಬೆಂಗಳೂರಿನಲ್ಲಿ ವಿಮಾನ ಬದಲಿಸಿದರೆ ರಾತ್ರಿ ಮಂಗಳೂರು. ಎಂಟು ಪೂರ್ತಿ ಮನೆಯಲ್ಲಿ. ಒಂಬತ್ತರ ರಾತ್ರಿ ವಾರ್ಡಿನಲ್ಲಿ.

ಒಂದೇ ತೊಡಕು. ಎಂಟನೆಯ ತಾರೀಖಿನ ಆಫ್ ಹರಿಯಾಣದ ನರ್ಸಿನದು. ನಮ್ಮ ವಾರ್ಡಿನ ಅತ್ಯಂತ ಗಟ್ಟಿ ಗಂಟಲು ಅವಳದೇ. ಇಬ್ಬರೂ ಒಪ್ಪಿ ಸಹಿ ಮಾಡಿದರೆ ಅದಲುಬದಲಿಗೆ ನಿಯಮ ಅಡ್ಡಿ ಬರುವುದಿಲ್ಲ. ಒಪ್ಪಿಸಬೇಕಲ್ಲ.

"ಸಿಸ್ಟರ್ ಜೀ," ಎಂದಳು ಅವಳು, ಸೊಂಟದ ಮೇಲೆ ಕೈಯಿಟ್ಟು, "ಇವಳಿಗೆ ಕ್ರಿಸ್‌ಮಸ್ ಇದೆ, ಈಸ್ಟರ್ ಇದೆ, ಗಂಡನ ಕಡೆಯಿಂದ ದೀಪಾವಳಿಯೂ ಬಂತು. ಈಗ ಇನ್ನೊಂದು ಹಬ್ಬ ಹುಟ್ಟಿಸಿಕೊಂಡು ಬಂದಿದ್ದಾಳೆ. ಊರಲ್ಲಿ ನನಗಿರೋದು ಎರಡೇ ಎಮ್ಮೆ, ಇವಳಿಗೆ ಎಷ್ಟು ದೇವರು?"

"ನಿನ್ನ ಕರ್ವಾ ಚೌತ್ ಸಂಜೆ ಪಾಳಿ ನಾನು ಮಾಡ್ತೇನೆ," ಎಂದಳು ಮಂಗಳೂರಿನವಳು ಹಿಂದಿಯಲ್ಲಿ, ಮೆಲ್ಲಗೆ.

ಹರಿಯಾಣದವಳು ಸೊಂಟದ ಮೇಲಿನ ಕೈ ಇಳಿಸಿದಳು. ಗಂಡನ ಆಯುಷ್ಯಕ್ಕಾಗಿ ಹೆಂಗಸರು ದಿನವಿಡೀ ನೀರೂ ಕುಡಿಯದೆ ಚಂದ್ರನಿಗೆ ಕಾಯುವ ಆ ದಿನದ ಸಂಜೆ ಪಾಳಿ ಎಂದರೆ ನಮ್ಮಲ್ಲಿ ಯುದ್ಧವೇ. ಚಂದ್ರ ಹುಟ್ಟುವ ಹೊತ್ತಿಗೆ ಪಾಳಿ ಬಿಡುತ್ತದೆ, ಮನೆ ಮುಟ್ಟುವಾಗ ಗಂಡ ಉಂಡು ಮಲಗಿರುತ್ತಾನೆ. ಹಿಂದಿನ ಎರಡು ವರ್ಷ ಅವಳು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ನಿಂತು ಫೋನಿನಲ್ಲೇ ಗಂಡನ ಮುಖ ನೋಡಿ ಉಪವಾಸ ಬಿಟ್ಟಿದ್ದಳು.

"ಆಮೇಲೆ ಮಾತು ಬದಲಾಯಿಸ್ತೀಯಾ?"

"ಇಲ್ಲ."

"ಚಲೋ, ಕೊಡಿ ಸಿಸ್ಟರ್ ಜೀ, ಎಲ್ಲಿ ಸಹಿ?"

ಏಳನೆಯ ತಾರೀಖು ಬಂತು. ಮಂಗಳೂರಿನವಳು ಬೆಳಿಗ್ಗೆ ಡ್ಯೂಟಿಗೆ ಬರುವಾಗಲೇ ಚಿಕ್ಕ ಸೂಟ್‌ಕೇಸನ್ನು ತಂದು ಬಟ್ಟೆ ಬದಲಿಸುವ ಕೋಣೆಯಲ್ಲಿಟ್ಟಿದ್ದಳು. ಒಂದು ಗಂಟೆಗೆ ನನ್ನ ಮೇಜಿನ ಫೋನು ಬಡಿದುಕೊಂಡಿತು. ಎರಡಕ್ಕೆ ಬಂದು ಅವಳನ್ನು ಬಿಡಿಸಬೇಕಿದ್ದ ಸಂಜೆಯ ನರ್ಸಿಗೇ ಜ್ವರ. ಡೆಂಗಿ ಇರಬಹುದು, ರಕ್ತ ಪರೀಕ್ಷೆಗೆ ಕೊಟ್ಟಿದ್ದೇನೆ ಎಂದಳು.

ಮುಂದಿನವರು ಬಂದು ವಾರ್ಡಿನ ಜವಾಬ್ದಾರಿ ವಹಿಸಿಕೊಳ್ಳುವವರೆಗೆ ಯಾರೂ ಹೊರಡುವಂತಿಲ್ಲ. ಅದು ಹಬ್ಬಕ್ಕೂ ಬಗ್ಗದ ನಿಯಮ, ಬಗ್ಗಬಾರದು ಕೂಡ. ಸೂಪರಿಂಟೆಂಡೆಂಟರ ಕಚೇರಿಗೆ ಫೋನ್ ಮಾಡಿದೆ. ಎಲ್ಲ ವಾರ್ಡಿನಲ್ಲೂ ಇದೇ ಕಥೆ, ನಾಲ್ಕರ ಮೇಲೆ ಯಾರನ್ನಾದರೂ ಕಳಿಸುತ್ತೇವೆ ಎಂದರು. ನಾಲ್ಕರ ಮೇಲೆ ಹೊರಟರೆ ವಿಮಾನ ಸಿಗುವುದಿಲ್ಲ.

ಮಂಗಳೂರಿನವಳಿಗೆ ಹೇಳದೆ ವಿಧಿಯಿರಲಿಲ್ಲ. ಹೇಳಿದೆ. "ಆಯ್ತು ಸಿಸ್ಟರ್. ಅಪ್ಪನಿಗೆ ಫೋನ್ ಮಾಡ್ತೇನೆ," ಎಂದು ಮುಂದಿನ ಮಂಚದ ಡ್ರಿಪ್ ನೋಡಲು ಹೋದಳು. ಅಳಲಿಲ್ಲ, ಫೋನೂ ಮಾಡಲಿಲ್ಲ.

ನಾನು ಏಪ್ರನ್ನಿನ ದಾರ ಬಿಗಿ ಮಾಡಿಕೊಂಡು, "ಹ್ಯಾಂಡೋವರ್ ನನಗೆ ಕೊಡು. ಸಂಜೆ ನಾನಿರ್ತೀನಿ," ಎಂದೆ.

ಎರಡರ ಹೊತ್ತಿಗೆ ಅದೇ ಬೆಳಗಿನ ಪಾಳಿಯಲ್ಲಿದ್ದ ಹರಿಯಾಣದವಳು ತನ್ನ ಮಂಚಗಳನ್ನು ಮುಂದಿನವಳಿಗೆ ಒಪ್ಪಿಸಿ, ಬ್ಯಾಗ್ ಹೆಗಲಿಗೇರಿಸಿಕೊಂಡು ಬಂದಳು. ವಿಷಯ ತಿಳಿದು ಬ್ಯಾಗನ್ನು ಕುರ್ಚಿಯ ಮೇಲೆ ಎಸೆದಳು.

"ನೀವು ಸುಮ್ಮನಿರಿ ಸಿಸ್ಟರ್ ಜೀ. ಈ ವಯಸ್ಸಿನಲ್ಲಿ ಕನ್ನಡಕ ಹುಡುಕೋದರಲ್ಲೇ ಅರ್ಧ ಪಾಳಿ ಹೋಗತ್ತೆ, ಇನ್ನು ಮಕ್ಕಳ ನರ ಯಾವಾಗ ಹುಡುಕ್ತೀರಿ?" ಆಮೇಲೆ ಮಂಗಳೂರಿನವಳ ಕಡೆ ತಿರುಗಿ, "ಏಯ್, ಮಂಚ ಮಂಚಕ್ಕೂ ಬೇಗ ಬೇಗ ಹೇಳಿ ಮುಗಿಸು. ಎರಡು ಕರ್ವಾ ಚೌತ್ ಬಾಕಿ ಆಯ್ತು, ನೆನಪಿರಲಿ. ಮುಂದಿನ ವರ್ಷದ್ದೂ ನಿನ್ನದೇ."

ಇಬ್ಬರೂ ಮಂಚದಿಂದ ಮಂಚಕ್ಕೆ ನಡೆದರು. ಯಾವ ಮಗುವಿಗೆ ಪ್ಲೇಟ್ಲೆಟ್ ಇಳಿದಿದೆ, ಯಾರಿಗೆ ಯಾವ ಹೊತ್ತಿಗೆ ರಕ್ತ ತೆಗೆಯಬೇಕು, ಒಂದನ್ನೂ ಬಿಡದೆ ಹೇಳಿದಳು. ಅವಸರವಿದ್ದರೂ ಹ್ಯಾಂಡೋವರ್ ಕುಗ್ಗಿಸಲಿಲ್ಲ. ಆಮೇಲೆ ಕಾರಿಡಾರಿನಲ್ಲಿ ಸೂಟ್‌ಕೇಸಿನ ಚಕ್ರದ ಸದ್ದು ಕೇಳಿತು. ಕಾರಿಡಾರಿನಲ್ಲಿ ಓಡಬಾರದೆಂದು ಮೂವತ್ತು ವರ್ಷ ನರ್ಸುಗಳನ್ನು ಗದರಿಸಿದವಳು ಅಂದು ಕಿವಿ ಕೇಳದವಳಂತೆ ಕೂತೆ.

ಹತ್ತರ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಅವಳು ರಾತ್ರಿ ಪಾಳಿ ಮುಗಿಸುತ್ತಿದ್ದಳು. ಹಿಂದಿನ ಸಂಜೆ ವಿಮಾನ ನಿಲ್ದಾಣದಿಂದ ನೇರ ಇಲ್ಲಿಗೇ ಬಂದಿದ್ದಳು. ಕಣ್ಣು ಕೆಂಪಾಗಿತ್ತು, ಮುಖ ಹಗುರವಾಗಿತ್ತು. ಔಷಧಿ ಕೋಣೆಗೆ ಕರೆದು ಊಟ ಹೇಗಾಯಿತು ಎಂದು ಕೇಳಿದೆ.

"ಬಾಳೆ ಎಲೆ ಊಟ ಸಿಸ್ಟರ್, ಎಲ್ಲ ತರಕಾರಿಯದ್ದೇ. ಅಪ್ಪ ಜಾಸ್ತಿ ಮಾತಾಡ್ಲಿಲ್ಲ. ಪಾಯಸ ಬಡಿಸುವಾಗ ನನ್ನ ಎಲೆಗೆ ಮೊದಲು ಹಾಕಿದ್ರು." ಬ್ಯಾಗಿನಿಂದ ಒಂದು ಕವರು ತೆಗೆದಳು. "ಹೊರಡುವಾಗ ಇದನ್ನು ಕೊಟ್ರು. ಅಣ್ಣನಿಗೆ ದುಬೈಗೆ ಒಂದು ಮಾಡಿದ್ರಲ್ಲ, ಅದರ ಒಟ್ಟಿಗೇ ಮಾಡಿದ್ದು. ನಾನು ಕೇಳ್ಲಿಲ್ಲ."

ಒಳಗೆ ಸಿಪ್ಪೆಯ ಸಮೇತ ಒಂದಿಷ್ಟು ಭತ್ತದ ಕಾಳು. ಕವರಿನ ಮೇಲೆ ವಯಸ್ಸಾದವರ ಓರೆ ಅಕ್ಷರದಲ್ಲಿ ಅವಳ ಗಂಡನ ಹೆಸರು. ಕನ್ನಡದಲ್ಲಿ ಬರೆದಿದ್ದರು, ಹೆಸರಿಗೆ ಒಂದು ದೀರ್ಘ ಹೆಚ್ಚಾಗಿತ್ತು.

ಅಷ್ಟರಲ್ಲಿ ಹರಿಯಾಣದವಳು ಬಾಗಿಲಲ್ಲಿ ಇಣುಕಿದಳು. ಕವರು ನೋಡಿ, ಏನೆಂದು ಕೇಳಿ ತಿಳಿದು, ಹಣೆ ಚಚ್ಚಿಕೊಂಡಳು.

"ಅಂದರೆ ಮುಂದಿನ ವರ್ಷ ಅಳಿಯನನ್ನೂ ಕರೀತಾರೆ. ಒಂದು ಆಫ್‌ನಲ್ಲಿ ಮುಗಿಯೋದಿಲ್ಲ, ಎರಡು ಕೇಳ್ತಾಳೆ. ಸಿಸ್ಟರ್ ಜೀ, ನನ್ನ ಹೋಳಿನೂ ಈಗಲೇ ಬರೆದುಕೊಂಡುಬಿಡಿ."

ಮಂಗಳೂರಿನವಳು ನಕ್ಕು ಕವರನ್ನು ಬ್ಯಾಗಿನೊಳಗೆ ಇಟ್ಟಳು. ಕೆಳಗೆ ಗೇಟಿನ ಹತ್ತಿರ ಅವಳ ಗಂಡ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಪಾಯಸಕ್ಕೆ ಹಾಲು ತೆಗೆದುಕೊಂಡು ಹೋಗಬೇಕು ಸಿಸ್ಟರ್ ಎಂದು ಹೇಳಿ, ಹ್ಯಾಂಡೋವರ್ ಮುಗಿಸಿ, ಅವಳು ಇಳಿದು ಹೋದಳು.